ದನಿಯನ್ನು ‘ನೋಡಿ’ ಎನ್ನಬಹುದೇ?

ಮಲ್ಲಿಗೆಹಂಬು: ಉರ್ದುವಿನ ಕೆಲವು ಹಳೆಯ ಷೇರ್‌ಗಳನ್ನು, ಅಂದರೆ ಎರಡು ಸಾಲಿನ ಪದ್ಯಗಳನ್ನು, ಇಂಗ್ಲಿಷಿಗೆ ತರುತ್ತಿದ್ದೇನೆ. ಕಣ್ಣು, ದನಿಗಳ ಹೊಗಳಿಕೆ ಬಂದಲ್ಲೆಲ್ಲ ಸಂಪಾದಕರು ‘ಸಿಹಿ ಹೆಚ್ಚಾಯಿತು, ಇಳಿಸಿ’ ಎಂದು ಗುರುತು ಹಾಕಿದ್ದಾರೆ. ಈಗ ದೆಹಲಿಯ ಕವಿ ಮೋಮಿನ್‌ನದು ಕೈಯಲ್ಲಿದೆ: ‘ಉಸ್ ಗೈರತ್-ಎ-ನಾಹೀದ್ ಕೀ ಹರ್ ತಾನ್ ಹೈ ದೀಪಕ್ / ಶೋಲಾ ಸಾ ಲಪಕ್ ಜಾಯೇ ಹೈ ಆವಾಜ್ ತೋ ದೇಖೋ’. ಕೊನೆಯ ‘ದೇಖೋ’, ಅಂದರೆ ‘ನೋಡಿ’ಯನ್ನು ‘ಕೇಳಿ’ ಎಂದು ತಿದ್ದಲು ಹೇಳಿದ್ದಾರೆ. ಎಷ್ಟು ಇಳಿಸಲಿ, ಎಲ್ಲಿ ನಿಲ್ಲಿಸಲಿ?

ನಿಂಬೆಹುಳಿ: ಧಾರಾಳವಾಗಿ ಇಳಿಸಿ. ಇವೆಲ್ಲ ಸವೆದ ನಾಣ್ಯಗಳು. ನಾವು ಮಗಳಿಗೆ ಮೀನಾಕ್ಷಿ ಎಂದು ಹೆಸರಿಡುವಾಗ ಯಾರಿಗೂ ಮೀನು ನೆನಪಾಗುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ‘ಮೀನಿನ ಕಣ್ಣವಳು’ ಎಂದು ಬರೆಯಿರಿ, ಓದುವವನಿಗೆ ಐಸಿನ ಮೇಲೆ ಮಲಗಿಸಿದ ಬಂಗುಡೆ ಕಾಣುತ್ತದೆ. ಮೂಲದ ಓದುಗನಿಗೆ ‘ಚೆಲುವಾದ ಕಣ್ಣು’ ಎಂದಷ್ಟೇ ಕೇಳಿಸುತ್ತಿತ್ತು ಎಂದಾದರೆ ಅನುವಾದದಲ್ಲಿಯೂ ಅಷ್ಟೇ ಇರಲಿ. ದನಿಯನ್ನು ಕೇಳುತ್ತಾರೆ, ನೋಡುವುದಿಲ್ಲ. ಸಂಪಾದಕರು ಸರಿಯಾಗಿಯೇ ಹೇಳಿದ್ದಾರೆ.

ಹಳೆಬೇರು: ಮೀನಾಕ್ಷಿಯ ಮಾತು ಒಪ್ಪುತ್ತೇನೆ, ಕೊನೆಯ ವಾಕ್ಯವನ್ನು ಒಪ್ಪುವುದಿಲ್ಲ. ಈ ಷೇರ್‌ನಲ್ಲಿ ‘ನೋಡಿ’ಯನ್ನು ತೆಗೆದರೆ ಉಳಿಯುವುದು ಬೂದಿ.

ಅದು ಹೇಗೆ ಕಟ್ಟಿಕೊಂಡಿದೆ ಎಂದು ಗಮನಿಸಿ. ಹಾಡುವವಳ ಪ್ರತಿ ತಾನವೂ ದೀಪಕ. ದೀಪಕವೆಂದರೆ ರಾಗವೂ ಹೌದು, ದೀಪವೂ ಹೌದು. ತಾನ್‌ಸೇನ ಅದನ್ನು ಹಾಡಿದಾಗ ದೀಪಗಳು ತಾವಾಗಿಯೇ ಹೊತ್ತಿಕೊಂಡವೆಂಬ ಕಥೆಯನ್ನು ದೆಹಲಿಯ ಕೇಳುಗರೆಲ್ಲ ಬಲ್ಲರು. ಆದ್ದರಿಂದ ಎರಡನೆಯ ಸಾಲಿನಲ್ಲಿ ದನಿ ಜ್ವಾಲೆಯಂತೆ ಚಿಮ್ಮುತ್ತದೆ. ಚಿಮ್ಮಿದ್ದು ಬೆಂಕಿಯಾದ ಮೇಲೆ ಅದು ಕಣ್ಣಿಗೆ ಕಾಣಲೇಬೇಕಲ್ಲ? ಅದಕ್ಕೇ ‘ದನಿ ನೋಡಿ’. ಇಡೀ ಷೇರ್ ಆ ಕೊನೆಯ ಪದಕ್ಕಾಗಿ ಕಾದು ಕುಳಿತಿದೆ. ‘ಕೇಳಿ’ ಎಂದು ತಿದ್ದಿದರೆ ಬೆಂಕಿ ಬರಿಯ ಅಲಂಕಾರವಾಗಿ ಬಿಡುತ್ತದೆ. ಆಗ ಸಂಪಾದಕರು ಅದನ್ನೂ ಸಿಹಿ ಎನ್ನುತ್ತಾರೆ, ಆಗ ಅವರು ಹೇಳುವುದು ನಿಜವೂ ಆಗುತ್ತದೆ.

ನಾನು ಮಾಡುವುದು ಇಷ್ಟು: ಹೊಗಳಿಕೆಯೊಂದನ್ನು ಮೂಲದಲ್ಲೇ ಅಳಿಸಿ ನೋಡುತ್ತೇನೆ. ಮುಂದಿನ ಸಾಲು ಹಾಗೆಯೇ ನಿಂತರೆ ಅದು ನಾಣ್ಯ, ಧೈರ್ಯವಾಗಿ ಇಳಿಸಬಹುದು. ಮುಂದಿನ ಸಾಲು ಕುಸಿದರೆ ಅದು ಕಂಬ, ಮುಟ್ಟಬಾರದು. ಇಲ್ಲಿ ನಾಹೀದಳೂ ನಾಚುವಂಥವಳೆಂಬ ‘ಗೈರತ್-ಎ-ನಾಹೀದ್’ ಹೊಗಳಿಕೆಯನ್ನು ಅಳಿಸಿದರೂ ಷೇರ್ ನಿಲ್ಲುತ್ತದೆ. ದೀಪಕವನ್ನಾಗಲಿ ‘ನೋಡಿ’ಯನ್ನಾಗಲಿ ಅಳಿಸಿದರೆ ನಿಲ್ಲುವುದಿಲ್ಲ.

ಗುಮ್ಮಟದೂರು: ವಿಜಯಪುರದ ನಮ್ಮ ಮನೆಮಾತು ದಖನಿ. ಹಳೆಬೇರು ಅವರು ‘ತೋ ದೇಖೋ’ ಮೇಲೆ ಬಹಳ ಭಾರ ಹೇರಿದ್ದಾರೆ ಎಂದು ನನಗೆ ತೋರುತ್ತದೆ. ಪಕ್ಕದ ಮನೆಯ ಹುಡುಗ ಕಿರುಚಿದರೂ ನಮ್ಮ ಅಮ್ಮ ‘ಆವಾಜ್ ತೋ ದೇಖೋ’ ಎನ್ನುತ್ತಾರೆ. ಬೆರಗಿಗೋ ಬೈಗುಳಕ್ಕೋ ಬಳಸುವ ಮಾಮೂಲಿ ಮಾತು ಅದು. ಅಲ್ಲಿ ಯಾರೂ ಏನನ್ನೂ ‘ನೋಡುತ್ತಿಲ್ಲ’.

ಹಳೆಬೇರು: ಅಮ್ಮನವರ ಮಾತೇ ನನಗೆ ಸಾಕ್ಷಿ. ಮಾಮೂಲಿ ಮಾತಾದ್ದರಿಂದಲೇ ಮೋಮಿನ್‌ಗೆ ಅದು ಸಿಕ್ಕಿದ್ದು. ಎಲ್ಲರ ಬಾಯಲ್ಲಿ ಮಲಗಿದ್ದ ಮಾತಿನ ಮುಂದೆ ಜ್ವಾಲೆ ಹಚ್ಚಿಟ್ಟು ಅದನ್ನು ಎಬ್ಬಿಸಿದ. ಕನ್ನಡಕ್ಕೆ ತರುವವರಿಗೆ ಇದು ಬಿಟ್ಟಿ ಸಿಗುತ್ತದೆ, ನಾವೂ ‘ಅವನ ದನಿ ನೋಡಿ!’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಬಳಕೆ ಇಲ್ಲ, ಹೀಗಾಗಿ ‘ನೋಡಿ’ ಸ್ವಲ್ಪ ವಿಚಿತ್ರವಾಗಿಯೇ ಕೇಳುತ್ತದೆ. ಕೇಳಲಿ ಎನ್ನುತ್ತೇನೆ.

ಗುಮ್ಮಟದೂರು: ಮೂಲದಲ್ಲಿ ಸಹಜವಾಗಿದ್ದದ್ದು ಅನುವಾದದಲ್ಲಿ ವಿಚಿತ್ರವಾದರೆ ಅದೂ ಒಂದು ತಪ್ಪೇ ಅಲ್ಲವೇ? ನನಗೆ ಇನ್ನೂ ಸಮಾಧಾನವಿಲ್ಲ.

ಮರಳೂರಿನ ಮಂಜ: ಹೊಗಳಿಕೆಯ ವಿಷಯ ಬಂತೆಂದು ನನ್ನ ಪಾಡು ಹೇಳುತ್ತೇನೆ. ದುಬೈನಲ್ಲಿ ನಮ್ಮ ಕಚೇರಿಯಲ್ಲಿ ಇರಾನಿನ ಒಬ್ಬ ಹಿರಿಯರಿದ್ದರು. ಅವರು ತೆಗೆದ ಫೋಟೋ ಚೆನ್ನಾಗಿದೆ ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು, ನಿಮ್ಮ ಕಣ್ಣುಗಳು ಸೊಗಸಾಗಿ ನೋಡುತ್ತವೆ ಎಂದರು. ಮನೆಗೆ ಬಂದು ಕನ್ನಡಿಯಲ್ಲಿ ನನ್ನ ಕಣ್ಣು ಪರೀಕ್ಷಿಸಿಕೊಂಡೆ. ಹೆಂಡತಿ ಇಂದಿಗೂ ನಗುತ್ತಾಳೆ. ಇಂಥವರಿಗೆ ತಿರುಗಿ ಏನೆಂದು ಹೊಗಳಬೇಕು?

ಹಳೆಬೇರು: ಮಂಜ ಅವರೇ, ಪ್ರಶ್ನೆ ಅದಲ್ಲ, ಆದರೂ ನಿಮ್ಮ ಕಥೆ ಒಳ್ಳೆಯ ಜಾಗಕ್ಕೇ ಬಂದಿದೆ. ಅವರು ನಿಮ್ಮ ಕಣ್ಣನ್ನು ಹೊಗಳಲಿಲ್ಲ. ‘ಫೋಟೋದಲ್ಲಿ ಏನೂ ಇಲ್ಲ, ಚೆಲುವೆಲ್ಲ ನೋಡುವ ನಿಮ್ಮಲ್ಲಿದೆ’ ಎಂದು ನಿಮ್ಮ ಮೆಚ್ಚುಗೆಯನ್ನು ನಿಮಗೇ ಹಿಂದಿರುಗಿಸಿದರು. ಫಾರ್ಸಿಯಲ್ಲಿ ಅದು ಮರ್ಯಾದೆಯ ಸಿದ್ಧ ಉತ್ತರ. ಹಾಗೆಯೇ ಏನಾದರೂ ಕೆಲಸ ಹೇಳಿದರೆ ಅವರು ‘ಚಶ್ಮ್’, ಅಂದರೆ ‘ಕಣ್ಣು’ ಎನ್ನುತ್ತಾರೆ. ಅರ್ಥ ಬರಿಯ ‘ಆಗಲಿ’. ಕಥೆಯೊಂದರಲ್ಲಿ ಅಂಗಡಿಯ ಹುಡುಗ ಟೀ ತರಲು ಹೋಗುವಾಗ ಆಡುವ ಈ ಮಾತನ್ನು ‘ನನ್ನ ಕಣ್ಣುಗಳ ಮೇಲಾಣೆ’ ಎಂದು ಇಂಗ್ಲಿಷಿಗೆ ತಂದರೆ ಆ ಹುಡುಗ ಅರಮನೆಯ ಸೇವಕನಾಗುತ್ತಾನೆ. ಇಂಥಲ್ಲಿ ಮುಲಾಜಿಲ್ಲದೆ ಇಳಿಸಬೇಕು.

ನಿಂಬೆಹುಳಿ: ನಾನು ಹೇಳಿದ್ದೂ ಇದನ್ನೇ ಅಲ್ಲವೇ!

ಹಳೆಬೇರು: ಅರ್ಧ ಇದನ್ನೇ. ಆದರೆ ಇಳಿಸುವುದೆಂದರೆ ‘ಚೆಲುವಾದ ಕಣ್ಣು’ ಎಂದು ಎಲ್ಲವನ್ನೂ ಒಂದೇ ಮಟ್ಟಕ್ಕೆ ಬಡಿಯುವುದಲ್ಲ. ‘ಚಶ್ಮ್-ಎ-ಬೀಮಾರ್’ ತೆಗೆದುಕೊಳ್ಳಿ. ಪದಕ್ಕೆ ಪದ ಇಟ್ಟರೆ ‘ಕಾಯಿಲೆಯ ಕಣ್ಣು’; ಇಂಗ್ಲಿಷ್ ಓದುಗ ಹನಿ ಔಷಧ ಹುಡುಕುತ್ತಾನೆ. ಕವಿ ಕಂಡದ್ದು ರೆಪ್ಪೆ ಭಾರವಾಗಿ ಅರೆ ಮುಚ್ಚಿದ, ಜಡವಾದ ನೋಟವನ್ನು. ‘ರೆಪ್ಪೆ ಭಾರವಾದ ಕಣ್ಣು’ ಎಂದರೆ ಸದ್ದು ಇಳಿಯುತ್ತದೆ, ಚಿತ್ರ ಉಳಿಯುತ್ತದೆ. ಆದರೆ ಪ್ರೇಮಿ ಮುಂದಿನ ಸಾಲಿನಲ್ಲಿ ‘ಆ ರೋಗಿಯೇ ನನಗೂ ರೋಗ ಹತ್ತಿಸಿತು’ ಎಂಬ ಧಾಟಿಯಲ್ಲಿ ಹೋದರೆ ಕಾಯಿಲೆಯನ್ನು ಉಳಿಸಿಕೊಳ್ಳಲೇಬೇಕು.

ನರ್ಗಿಸ್ ಇನ್ನೂ ತೊಡಕು. ಫಾರ್ಸಿ, ಉರ್ದುಗಳಲ್ಲಿ ಆ ಹೂವೆಂದರೆ ಕಣ್ಣು. ಇಂಗ್ಲಿಷಿನಲ್ಲಿ ‘ನಾರ್ಸಿಸಸ್’ ಎಂದು ಅದರ ಹೆಸರು ಹೇಳಿದೊಡನೆ ಕೊಳದಲ್ಲಿ ತನ್ನ ಮುಖಕ್ಕೆ ತಾನೇ ಮರುಳಾದ ಗ್ರೀಕ್ ಹುಡುಗ ಕರೆಯದೆ ಬಂದು ಕೂರುತ್ತಾನೆ. ಇಲ್ಲಿ ಕೆಟ್ಟದ್ದು ಅತಿಶಯೋಕ್ತಿಯಿಂದಲ್ಲ, ತಪ್ಪು ಕಥೆಯಿಂದ. ಹೂವನ್ನು ಬಿಟ್ಟು ಕಣ್ಣನ್ನು ಉಳಿಸಿಕೊಳ್ಳುವುದು ವಾಸಿ.

ಗುಮ್ಮಟದೂರು: ಒಂದು ಮಾತು. ಹೋಮರನ ಹೇರಾ ದೇವಿಗೆ ಇಂಗ್ಲಿಷಿನವರು ‘ಎತ್ತಿನ ಕಣ್ಣವಳು’ ಎಂದು ಅಳುಕಿಲ್ಲದೆ ಬರೆದುಕೊಂಡರು, ಓದುಗರು ಒಗ್ಗಿಕೊಂಡರು. ಗ್ರೀಕಿಗೆ ಸಿಗುವ ತಾಳ್ಮೆ ಉರ್ದುವಿಗೆ ಏಕಿಲ್ಲ? ಇಳಿಸುವುದನ್ನೇ ರೂಢಿ ಮಾಡಿದರೆ ಯಾರೂ ಎಂದೂ ಒಗ್ಗಿಕೊಳ್ಳುವುದಿಲ್ಲ.

ಹಳೆಬೇರು: ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹೋಮರನಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ, ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ಎರಡು ಸಾಲಿನ ಷೇರ್‌ಗೆ ಆ ಪುರುಸೊತ್ತಿಲ್ಲ ಎಂದಷ್ಟೇ ಹೇಳಬಲ್ಲೆ.

ಮಲ್ಲಿಗೆಹಂಬು: ಎಲ್ಲರಿಗೂ ವಂದನೆ. ನಾಹೀದಳನ್ನು ಬಿಟ್ಟು ಹೀಗೆ ಮಾಡಿದ್ದೇನೆ, ಇಂಗ್ಲಿಷಿನ ತಿರುಳು ಕನ್ನಡದಲ್ಲಿ: ‘ಅವಳು ಎಳೆದ ತಾನವೆಲ್ಲ ದೀಪ ಹೊತ್ತಿಸುವ ರಾಗ, ಜ್ವಾಲೆ ಚಿಮ್ಮಿತು, ಆ ದನಿ ನೋಡಿ.’ ದೀಪಕದ ಹೆಸರಿನ ಬದಲು ಅದರ ಕೆಲಸವನ್ನೇ ಸಾಲಿನೊಳಗೆ ಹೇಳಿದ್ದರಿಂದ ಅಡಿಟಿಪ್ಪಣಿ ಬೇಕಾಗಲಿಲ್ಲ.

ಹಳೆಬೇರು: ‘ಹೊತ್ತಿಸುವ ರಾಗ’ ಚೆನ್ನಾಗಿ ಕೂತಿದೆ. ಆದರೆ ನಾಹೀದಳನ್ನು ಬಿಡಿ ಎಂದವನು ನಾನೇ, ಈಗ ಹಿಂಜರಿಯುತ್ತಿದ್ದೇನೆ. ನಾಹೀದ್ ಎಂದರೆ ಶುಕ್ರಗ್ರಹ, ಆಕಾಶದ ಗಾಯಕಿ; ಅವಳೂ ನಾಚುವಂಥ ಹಾಡುಗಾರ್ತಿ ಎಂದು ಅರ್ಥ. ಮೋಮಿನ್ ಹಕೀಮನಷ್ಟೇ ಅಲ್ಲ, ಜ್ಯೋತಿಷವನ್ನೂ ಬಲ್ಲವನು. ಗ್ರಹದ ಹೆಸರನ್ನು ಅವನು ಸುಮ್ಮನೆ ಇಟ್ಟಿರಲಾರ. ಮೇಲೆ ಹೊಳೆಯುವ ಶುಕ್ರ, ಕೆಳಗೆ ಹೊತ್ತುವ ದೀಪ, ನಡುವೆ ಜ್ವಾಲೆ: ಬೆಳಕು ಮೊದಲ ಪದಗಳಿಂದಲೇ ಶುರುವಾಗಿತ್ತು.

ನಿಂಬೆಹುಳಿ: ಅಂದರೆ ನಿಮ್ಮ ಕಂಬದ ಪರೀಕ್ಷೆ ನಿಮ್ಮ ಷೇರ್‌ನಲ್ಲೇ ಸೋತಿತು.

ಹಳೆಬೇರು: ಸೋತಿತೋ, ಅಥವಾ ನಾನು ಅವಸರದಲ್ಲಿ ಅಳಿಸಿದೆನೋ. ಸಾಲು ನಿಂತಿತು, ಬೆಳಕು ಒಂದಿಷ್ಟು ಕಡಿಮೆಯಾಯಿತು.

ಗುಮ್ಮಟದೂರು: ಇನ್ನೊಂದು, ಮಲ್ಲಿಗೆಹಂಬು ಅವರೇ. ‘ಅವಳು’ ಎಂದು ಬರೆದಿದ್ದೀರಿ. ಮೂಲದಲ್ಲಿರುವುದು ‘ಉಸ್’. ಅದು ಹೆಣ್ಣೆಂದೂ ಹೇಳುವುದಿಲ್ಲ, ಗಂಡೆಂದೂ ಹೇಳುವುದಿಲ್ಲ.

ಮಲ್ಲಿಗೆಹಂಬು: ಅಯ್ಯೋ. ನಾಹೀದಳನ್ನು ಉಳಿಸಿಕೊಂಡಿದ್ದರೆ ಹೋಲಿಕೆಯ ನೆಪದಲ್ಲಾದರೂ ‘ಅವಳು’ ಎನ್ನಬಹುದಿತ್ತು. ಈಗ ಅದೂ ಹೋಯಿತು. ಸೋಮವಾರದೊಳಗೆ ಕಳುಹಿಸಬೇಕು, ಮತ್ತೆ ಕೂರುತ್ತೇನೆ.