“ಒಂದು ನಾಯಿ ಬಿಡಿಸಿಕೊಡಿ” ಅಂದರು, ಎರಡು ಸಲ ಬಿಡಿಸಿದರೂ ಆಗಲಿಲ್ಲ: ಮೊದಲು ಏನು ಕೇಳಬೇಕಿತ್ತು?

ಗೆರೆಪುಟ:

ನಮಸ್ಕಾರ. ಬಿಡುವಿನ ವೇಳೆಯಲ್ಲಿ ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸುತ್ತೇನೆ. ಬೀದಿನಾಯಿಗಳನ್ನು ಸಾಕಿ, ಬೇಕಾದವರಿಗೆ ದತ್ತು ಕೊಡುವ ಪರಿಚಯದವರೊಬ್ಬರು “ನಮಗೊಂದು ನಾಯಿ ಚಿತ್ರ ಬಿಡಿಸಿಕೊಡಿ” ಅಂತ ಮೆಸೇಜ್ ಹಾಕಿದರು. ಅಷ್ಟೇ, ಮುಂದೆ ಇನ್ನೇನೂ ಇಲ್ಲ. ಖುಷಿಯಲ್ಲಿ ಒಪ್ಪಿಕೊಂಡು, 3000×3000 ಪಿಕ್ಸೆಲ್ ಕ್ಯಾನ್ವಾಸ್ ಮೇಲೆ ಜಲವರ್ಣದ ಬ್ರಷ್‌ನಲ್ಲಿ ಎರಡು ಸಂಜೆ ಕೂತು ಮುಖ ಬಿಡಿಸಿದೆ. ಒದ್ದೆ ಕಣ್ಣು, ಮೃದುವಾದ ಕೂದಲು, ಹಿಂದೆ ತಿಳಿಬಣ್ಣ. “ತುಂಬಾ ಚೆನ್ನಾಗಿದೆ, ಆದರೆ ನಮಗೆ ಇಂಥದ್ದಲ್ಲ” ಅಂದರು.

ಆಗ “ಯಾವ ಶೈಲಿ ಬೇಕು?” ಅಂತ ಕೇಳಿದೆ. “ಸಿಂಪಲ್ ಆಗಿರಲಿ, ಕಾರ್ಟೂನ್ ಥರ” ಅಂದರು. ದಪ್ಪ ಮೂಗು, ಆಚೆ ಬಿದ್ದ ನಾಲಿಗೆ, ಮೂರು ಬಣ್ಣ ಹಾಕಿ ಇನ್ನೊಂದು ಕಳಿಸಿದೆ. ಉತ್ತರ: “ಇದನ್ನು ಸೀಲ್ ಮಾಡೋರಿಗೆ ಕೊಟ್ಟೆವು. ಬರಲ್ಲ ಅಂದರು.” ದತ್ತು ಪತ್ರದ ಮೇಲೆ ಒತ್ತುವ ರಬ್ಬರ್ ಸ್ಟ್ಯಾಂಪಿಗೆ ಅಂತ ನನಗೆ ಗೊತ್ತಾಗಿದ್ದೇ ಆಗ!

ಶೈಲಿ, ಭಾವ, ಅಳತೆ, ಉದ್ದೇಶ ಈ ನಾಲ್ಕೂ ಗೊತ್ತಿಲ್ಲದೆ ಕೆಲಸಕ್ಕೆ ಕೂರಬಾರದು ಅನ್ನೋದು ಈಗ ಅರ್ಥವಾಗಿದೆ. ಆದರೆ ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಅರ್ಜಿ ತುಂಬಿಸಿದ ಹಾಗಾಗುತ್ತೆ. ಹಿಂದೊಮ್ಮೆ ಹಾಗೆ ಕೇಳಿದಾಗ ಎದುರಿನವರು ಉತ್ತರಿಸದೆ ಸುಮ್ಮನಾಗಿಬಿಟ್ಟರು. ಒಂದೇ ಪ್ರಶ್ನೆ ಕೇಳಲು ಅವಕಾಶ ಇದ್ದರೆ ಯಾವುದನ್ನು ಕೇಳ್ತೀರಿ?

ಪೆನ್ಸಿಲ್ ಚೂರು:

ನಾಯಿ ಬಿಡಿಸೋದು ಅಷ್ಟೇನೂ ಕಷ್ಟ ಇಲ್ಲ ಬ್ರೋ. ಎದೆಗೂಡಿಗೆ ಒಂದು ದೊಡ್ಡ ಮೊಟ್ಟೆ, ಸೊಂಟಕ್ಕೆ ಸಣ್ಣದು, ತಲೆಗೆ ಒಂದು ಗುಂಡು, ಮೂತಿಗೆ ಡಬ್ಬಿ. ಎಲ್ಲರೂ ಎಡವೋದು ಹಿಂಗಾಲಲ್ಲಿ. ಅಲ್ಲಿ ಹಿಂದಕ್ಕೆ ಚಾಚಿಕೊಂಡು ಕಾಣೋದು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಮೇಲೆ, ಹೊಟ್ಟೆ ಹತ್ತಿರ ಇರುತ್ತೆ. ಅದೊಂದು ಸರಿಮಾಡ್ಕೊಂಡ್ರೆ ಯಾರೂ ಬೇಡ ಅನ್ನಲ್ಲ.

ಗೆರೆಪುಟ:

ಹಿಮ್ಮಡಿ ವಿಷಯ ಉಪಯೋಗಕ್ಕೆ ಬರುತ್ತೆ, ಥ್ಯಾಂಕ್ಸ್. ಆದರೆ ನನ್ನ ತೊಂದರೆ ನಾಯಿ ಬಿಡಿಸೋದರಲ್ಲಿ ಅಲ್ಲ, ಎಂಥ ನಾಯಿ ಅಂತ ಕೇಳೋದರಲ್ಲಿ.

ಬಣ್ಣದ ಡಬ್ಬಿ:

ನನ್ನ ಪ್ರಕಾರ ಶೈಲಿಯೇ ಮೊದಲು. ನೀವು ಅದನ್ನು ಕೇಳಿದ್ದು ತಪ್ಪಲ್ಲ, ಬಾಯಿಮಾತಲ್ಲಿ ಕೇಳಿದ್ದು ತಪ್ಪು. “ಸಿಂಪಲ್” ಅಂದರೆ ನಿಮಗೊಂದು ಅರ್ಥ, ಅವರಿಗೊಂದು ಅರ್ಥ. ನಾನು ನನ್ನದೇ ಹಳೆಯ ಮೂರು ಚಿತ್ರ ಕಳಿಸ್ತೀನಿ: ಒಂದು ಬರೀ ಗೆರೆಯದ್ದು, ಒಂದು ಚಪ್ಪಟೆ ಬಣ್ಣದ್ದು, ಒಂದು ನೆರಳು-ಬೆಳಕು ಇರೋದು. ಬೆರಳಿಟ್ಟು ತೋರಿಸ್ತಾರೆ, ಕೆಲಸ ಮುಗೀತು.

ಅಚ್ಚುಮೊಳೆ:

ಮಾದರಿ ತೋರಿಸಿ ಕೇಳಬೇಕು ಅನ್ನೋ ಬಣ್ಣದ ಡಬ್ಬಿಯವರ ಮಾತು ಪೂರ್ತಿ ಸರಿ. ಆದರೆ ಅದು ಎರಡನೆಯ ಪ್ರಶ್ನೆ. ಗೆರೆಪುಟ ಅವರೇ, ಮೂರು ಮಾದರಿ ಕಳಿಸಿ, ಅವರು ನೆರಳು-ಬೆಳಕಿನದ್ದನ್ನು ಇಷ್ಟಪಟ್ಟಿದ್ದರೆ ಏನು ಮಾಡುತ್ತಿದ್ದಿರಿ? ಸ್ಟ್ಯಾಂಪಿನಲ್ಲಿ ಶಾಯಿ ಇದೆ ಅಥವಾ ಇಲ್ಲ, ನಡುವಣ ಬೂದು ಅನ್ನೋದೇ ಇಲ್ಲ. ಮಾಡಿಕೊಡಲಾಗದ ಆಯ್ಕೆಯನ್ನು ನೀವೇ ಮುಂದಿಟ್ಟಂತೆ ಆಗುತ್ತಿತ್ತು.

ಯಾವ ಪ್ರಶ್ನೆ ಮೊದಲು ಅನ್ನೋದಕ್ಕೆ ನಾನು ಹೀಗೆ ಪರೀಕ್ಷೆ ಮಾಡ್ತೀನಿ. ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರ ಬಂತು ಅಂತ ಊಹಿಸಿಕೊಳ್ಳಿ, ಆಮೇಲೆ ಉಳಿದ ಮೂರರಲ್ಲಿ ಎಷ್ಟು ಬದಲಾಗುತ್ತೆ ನೋಡಿ. ಭಾವ ಕೇಳಿದಿರಿ, “ಖುಷಿಯ ನಾಯಿ” ಅಂದರೂ “ಶಾಂತವಾದ ನಾಯಿ” ಅಂದರೂ ಅಳತೆ ತಿಳಿಯಲಿಲ್ಲ, ಶೈಲಿ ತಿಳಿಯಲಿಲ್ಲ. ಅಳತೆ ಕೇಳಿದಿರಿ, “ಮೂರು ಸೆಂಟಿಮೀಟರ್” ಅಂದರು. ಸಣ್ಣ ವಿವರ ಬೇಡ ಅಂತ ತಿಳಿಯಿತು, ಆದರೆ ಬಣ್ಣದ ಮಾತು ಹಾಗೇ ಉಳಿಯಿತು. ಮೂರು ಸೆಂಟಿಮೀಟರ್ ಸ್ಟಿಕರ್‌ನಲ್ಲಿ ಎಲ್ಲ ಬಣ್ಣವೂ ಬರುತ್ತೆ, ಅದೇ ಅಳತೆಯ ಸ್ಟ್ಯಾಂಪಿನಲ್ಲಿ ಒಂದೇ. “ಚಿತ್ರ ಎಲ್ಲಿ ಹೋಗಿ ಕೂರುತ್ತೆ?” ಅಂತ ಕೇಳಿದ್ದರೆ ‘ಸ್ಟ್ಯಾಂಪ್’ ಅನ್ನೋ ಒಂದು ಮಾತಲ್ಲಿ ಅಳತೆಯ ಅಂದಾಜು, ಬಣ್ಣದ ಲೆಕ್ಕ, ಶೈಲಿಯ ಮುಕ್ಕಾಲು ಪಾಲು ಕೈಗೆ ಬರುತ್ತಿತ್ತು.

ಇನ್ನೊಂದು ಕಾರಣವೂ ಇದೆ. ಭಾವವನ್ನು ಕೊನೆಯಲ್ಲೂ ತಿದ್ದಬಹುದು. ಕಿವಿ ಹಿಂದಕ್ಕೆ ಒರಗಿಸಿದರೆ ಒಂದು ಭಾವ, ನೆಟ್ಟಗೆ ನಿಲ್ಲಿಸಿದರೆ ಇನ್ನೊಂದು. ಆದರೆ ಜಲವರ್ಣದ ಮುಖವನ್ನು ಸ್ಟ್ಯಾಂಪಾಗಿ ತಿದ್ದೋಕೆ ಆಗಲ್ಲ, ಹೊಸದಾಗೇ ಬಿಡಿಸಬೇಕು. ತಡವಾಗಿ ಗೊತ್ತಾದರೆ ಹೆಚ್ಚು ನಷ್ಟ ಯಾವುದರಿಂದಲೋ, ಅದನ್ನು ಮೊದಲು ಕೇಳಿ.

“ಉದ್ದೇಶ ಏನು?” ಅಂತ ಮಾತ್ರ ಕೇಳಬೇಡಿ. “ಚೆನ್ನಾಗಿ ಕಾಣಲಿ ಅಂತ” ಅನ್ನೋ ಉತ್ತರ ಬರುತ್ತೆ. ನಾನು ಕೇಳೋದು ಹೀಗೆ: “ಫೈಲ್ ಕೈಗೆ ಬಂದ ತಕ್ಷಣ ಅದನ್ನು ಏನು ಮಾಡ್ತೀರಿ? ಪ್ರಿಂಟಿಗಾ, ಬಟ್ಟೆ ಮೇಲಾ, ಮೊಬೈಲಲ್ಲೇ ಇಡೋದಾ?” ಮುಂದಿನ ಕೆಲಸ ಕೇಳಿದರೆ ಜನ ಸರಿಯಾಗಿ ಹೇಳ್ತಾರೆ.

ಗೆರೆಪುಟ:

ಇದು ನನಗೆ ಹೊಳೆದೇ ಇರಲಿಲ್ಲ. ಸ್ಟ್ಯಾಂಪ್ ಅಗಲ 30 ಮಿಲಿಮೀಟರ್ ಅಂತ ಈಗ ಕೇಳಿ ತಿಳಿದುಕೊಂಡೆ. ಕಾರ್ಟೂನ್ ನಾಯಿಯನ್ನೇ GIMP‌ನಲ್ಲಿ Colors > Threshold ಕೊಟ್ಟು ಕಪ್ಪು-ಬಿಳುಪು ಮಾಡಿ ಕಳಿಸಿದರೆ ಸಾಕಲ್ವಾ?

ಅಚ್ಚುಮೊಳೆ:

ಬಣ್ಣ ಹೋಗುತ್ತೆ, ಗೆರೆಯ ದಪ್ಪದ ತೊಂದರೆ ಹಾಗೇ ಇರುತ್ತೆ. ಲೆಕ್ಕ ಸುಲಭ. ನಿಮ್ಮ ನಾಯಿ ಕ್ಯಾನ್ವಾಸಿನ 3000 ಪಿಕ್ಸೆಲ್ ಅಗಲವನ್ನೂ ತುಂಬಿದೆ ಅಂದುಕೊಳ್ಳೋಣ. ಅದು 30 ಮಿಲಿಮೀಟರಿಗೆ ಇಳಿದಾಗ ಒಂದು ಮಿಲಿಮೀಟರಿಗೆ 100 ಪಿಕ್ಸೆಲ್. ಸ್ಟ್ಯಾಂಪಿಗೆ ನಾನು 0.3 ಮಿಲಿಮೀಟರ್‌ಗಿಂತ ತೆಳು ಗೆರೆ ಬಿಡಿಸಲ್ಲ. ಅಂದರೆ ನಿಮ್ಮ ಕ್ಯಾನ್ವಾಸಿನಲ್ಲಿ 30 ಪಿಕ್ಸೆಲ್. ನೀವು ಗೆರೆಗೆ ಎಷ್ಟು ಇಟ್ಟಿದ್ದೀರಿ?

ಗೆರೆಪುಟ:

ಹೊರಗೆರೆ 20. ಮೀಸೆ, ಕೂದಲು ಎಲ್ಲ 8.

ಅಚ್ಚುಮೊಳೆ:

ಹಾಗಾದರೆ ಮೀಸೆ 0.08 ಮಿಲಿಮೀಟರ್. ರಬ್ಬರ್‌ನಲ್ಲಿ ಅದು ಮೂಡೋದೇ ಅನುಮಾನ, ಮೂಡಿದರೂ ನಾಲ್ಕು ಸಲ ಒತ್ತಿದ ಮೇಲೆ ಸವೆದು ಹೋಗುತ್ತೆ. ಗೆರೆಗಿಂತ ಹೆಚ್ಚು ಎಚ್ಚರ ಬೇಕಾದ್ದು ನಡುವಿನ ಬಿಳಿ ಜಾಗಕ್ಕೆ. ಒತ್ತಿದಾಗ ರಬ್ಬರ್ ಅಮುಕಿಕೊಂಡು ಹರಡುತ್ತೆ, ಶಾಯಿಯೂ ಕಾಗದದಲ್ಲಿ ಹಬ್ಬುತ್ತೆ. ಸಣ್ಣ ಬಿಳಿ ಸಂದುಗಳು ಮುಚ್ಚಿ ಕಪ್ಪು ಮುದ್ದೆಯಾಗುತ್ತವೆ. ಗೆರೆ ದಪ್ಪ ಎಷ್ಟೋ, ಬಿಳಿ ಸಂದು ಅದಕ್ಕಿಂತ ಅಗಲವಾಗೇ ಇರಲಿ.

ಪೆನ್ಸಿಲ್ ಚೂರು ಅವರ ಮಾತು ಈಗ ಕೆಲಸಕ್ಕೆ ಬರುತ್ತೆ ನೋಡಿ. ವಿವರ ತೆಗೆದ ಮೇಲೆ ಉಳಿಯೋದು ಹೊರ ಆಕಾರ ಮಾತ್ರ. ಪಕ್ಕದಿಂದ ಕಾಣುವ ನಾಯಿ, ಹಿಮ್ಮಡಿಯ ಮಡಿಕೆ, ಬಾಲ, ಕಿವಿ. ಪೂರ್ತಿ ಕಪ್ಪು ತುಂಬಿದರೂ ನಾಯಿ ಅಂತ ಗುರುತು ಸಿಗಬೇಕು.

ಹಳೇ ಕುಂಚ:

ನನ್ನ ಅನುಭವ ಇದಕ್ಕೆ ಒಪ್ಪೋದಿಲ್ಲ, ಹೇಳಿಬಿಡ್ತೀನಿ. ತೀರಿಹೋದ ನಾಯಿಯ ಚಿತ್ರ ಬೇಕು ಅಂತ ಒಂದು ಮನೆಯವರು ಕೇಳಿದ್ದರು. ಎಲ್ಲಿ ಹಾಕ್ತೀರಿ ಅಂತಲೇ ನಾನು ಮೊದಲು ಕೇಳಿದ್ದು. “ಗೋಡೆಗೆ, ಎ4 ಸಾಕು” ಅಂದರು. ಅಳತೆ ಸರಿ, ಕಾಗದ ಸರಿ, ಎಲ್ಲ ಸರಿ. ಅವರೇ ಕಳಿಸಿದ ಕೊನೆಯ ಫೋಟೋ ನೋಡಿ, ಮುದಿಯಾಗಿ ಚಾಪೆ ಮೇಲೆ ಮಲಗಿದ ಹಾಗೆ ಬಿಡಿಸಿದೆ. ಮನೆಯ ಹೆಂಗಸು ನೋಡಿದವರೇ ಆಚೆ ಹೋಗಿಬಿಟ್ಟರು. ಓಡಾಡಿಕೊಂಡಿದ್ದ ದಿನಗಳ ನಾಯಿ ಅವರಿಗೆ ಬೇಕಾಗಿತ್ತು. ‘ಗೋಡೆ’ ಅನ್ನೋ ಉತ್ತರದಿಂದ ಅದು ಹೇಗೆ ಗೊತ್ತಾಗಬೇಕು? ಅಲ್ಲಿ ಭಾವವೇ ಮೊದಲ ಪ್ರಶ್ನೆ ಆಗಬೇಕಿತ್ತು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ.

ಅಚ್ಚುಮೊಳೆ:

ಹೌದು, ಇಲ್ಲಿ ನನ್ನ ಪರೀಕ್ಷೆ ಸೋಲುತ್ತೆ. ನೀವು ಹೇಳಿದ ಮೇಲೆ ಅನ್ನಿಸ್ತಿದೆ, ‘ಯಾವುದೋ ಒಂದು ನಾಯಿಯಾ, ನಿಮ್ಮ ನಾಯಿಯಾ?’ ಅನ್ನೋದು ಎಲ್ಲಕ್ಕಿಂತ ಮುಂಚೆ ಇದೆ. ಯಾವುದೋ ಒಂದು ಅಂದರೆ ಎಲ್ಲಿ ಕೂರುತ್ತೆ ಅಂತ ಕೇಳಬೇಕು. ಅವರದೇ ನಾಯಿ ಅಂದರೆ “ಅದು ಹೇಗಿದ್ದಾಗಿನ ನೆನಪು ನಿಮಗೆ ಇಷ್ಟ?” ಅಂತ ಕೇಳಬೇಕು.

ಬಣ್ಣದ ಡಬ್ಬಿ:

ಅಂದರೆ ಒಂದೇ ಪ್ರಶ್ನೆ ಅಂತ ಶುರುವಾಗಿ ಎರಡಾಯ್ತು.

ಅಚ್ಚುಮೊಳೆ:

ಮೊದಲನೆಯದಕ್ಕೆ ಸಾಮಾನ್ಯವಾಗಿ ಬಾಯಿಬಿಟ್ಟು ಕೇಳಬೇಕಾಗಲ್ಲ. ಅವರದೇ ನಾಯಿ ಆಗಿದ್ದರೆ ಹೆಸರೋ ಫೋಟೋವೋ ಮೆಸೇಜಿನಲ್ಲೇ ಬಂದಿರುತ್ತೆ. ಅನುಮಾನ ಇದ್ದರೆ ಮಾತ್ರ ಕೇಳಿ.

ಸಾಲುಕೋಡ್:

ಮಾತಿನಿಂದ ಚಿತ್ರ ಮಾಡಿಕೊಡುವ ಎಐ ಟೂಲ್ ತಯಾರಿಸುವ ತಂಡದಲ್ಲಿದ್ದೇನೆ. ಇದೇ ಚರ್ಚೆ ನಮ್ಮಲ್ಲೂ ನಡೀತಿದೆ. “ನಾಯಿ ಬಿಡಿಸು” ಅಂತ ಬರೆದವರಿಗೆ ಮೊದಲು ಪ್ರಶ್ನೆ ಕೇಳಬಾರದು ಅನ್ನೋದು ನನ್ನ ವಾದ. ಕೆಲವೇ ಸೆಕೆಂಡಿನಲ್ಲಿ ಒಂದು ಚಿತ್ರ ಬರುತ್ತೆ. ಅದನ್ನು ಕೊಟ್ಟು, “ಸಾಧಾರಣ ಕಂದು ನಾಯಿ, ಫೋಟೋ ಥರ, ಚೌಕಾಕಾರ ಅಂತ ಅಂದುಕೊಂಡು ಮಾಡಿದೆ” ಅಂತ ಹೇಳಿ, ಆಮೇಲೆ ಒಂದು ಪ್ರಶ್ನೆ ಕೇಳಿದರೆ ಸಾಕು. ಕಣ್ಣೆದುರಿಗೆ ತಪ್ಪು ನಾಯಿ ಇದ್ದಾಗ ಸರಿಯಾದದ್ದು ಯಾವುದು ಅಂತ ಜನಕ್ಕೆ ಥಟ್ ಅಂತ ಹೊಳೆಯುತ್ತೆ. ನೀವೂ ಎರಡು ನಿಮಿಷದ ಕಚ್ಚಾ ಸ್ಕೆಚ್ ಕಳಿಸಿ ಹೀಗೇ ಮಾಡಬಹುದಲ್ಲ?

ಅಚ್ಚುಮೊಳೆ:

ಚಿತ್ರಕ್ಕೆ ಸೆಕೆಂಡುಗಳು ಸಾಕಾದಾಗ ಒಪ್ಪುತ್ತೇನೆ. ಆದರೆ ನಿಮ್ಮ ಚಿತ್ರ 1024×1024 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಇಂಚಿಗೆ 300 ಪಿಕ್ಸೆಲ್‌ನಂತೆ ಅಚ್ಚು ಹಾಕಿದರೆ ಸುಮಾರು 8.7 ಸೆಂಟಿಮೀಟರ್ ಅಗಲ ಬರುತ್ತೆ. ಪೋಸ್ಟರಿಗೆ ಅಂತ ಕೇಳಿದವರು ಪರದೆ ಮೇಲೆ ನೋಡಿ ‘ಸರಿಯಾಗಿದೆ’ ಅಂತಲೇ ಹೇಳ್ತಾರೆ, ತಪ್ಪು ಗೊತ್ತಾಗೋದು ಅಚ್ಚಾದ ಮೇಲೆ. ನೋಡಿದ ಕೂಡಲೇ ಕಾಣೋ ತಪ್ಪಿಗೆ ನಿಮ್ಮ ದಾರಿ ಸರಿ. ಅಳತೆ, ಎಲ್ಲಿಗೆ ಅನ್ನೋದರ ತಪ್ಪು ಕಣ್ಣಿಗೆ ಕಾಣಲ್ಲ, ಅದಕ್ಕೇ ಅದನ್ನು ಕೇಳಲೇಬೇಕು.

ಸಾಲುಕೋಡ್:

ಆದರೂ ಮೊದಲ ಚಿತ್ರ ಕೊಟ್ಟ ಮೇಲೆ ಕೇಳಬಹುದು ಅನ್ನೋದರಲ್ಲೇ ನಾನಿದ್ದೇನೆ. ಕೇಳಬೇಕಾದ ಪ್ರಶ್ನೆ ಮಾತ್ರ ನೀವು ಹೇಳಿದ್ದೇ.

ಗೆರೆಪುಟ:

ಈ ವಾರ ಆಗಿದ್ದು ಹೇಳ್ತೀನಿ. ಪಕ್ಕದಿಂದ ಕಾಣುವ, ಕೂತ ನಾಯಿ. ಒಂದು ಕಿವಿ ನೆಟ್ಟಗೆ, ಒಂದು ಬಾಗಿದ್ದು. ಕಪ್ಪು ತುಂಬಿದ ಆಕಾರ, ಒಳಗೆ ಎರಡೇ ಬಿಳಿ ಗೆರೆ. ಕಳಿಸುವ ಮುಂಚೆ 30 ಮಿಲಿಮೀಟರಿಗೆ ಪ್ರಿಂಟ್ ತೆಗೆದು ಕೈಯಳತೆ ದೂರದಲ್ಲಿ ಹಿಡಿದು ನೋಡಿದೆ. ಕಣ್ಣಿನ ಬಿಳಿ ಚುಕ್ಕೆ ಕಾಣಲೇ ಇಲ್ಲ. ಅಳೆದರೆ 12 ಪಿಕ್ಸೆಲ್ ಇತ್ತು. ಅದನ್ನು 50ಕ್ಕೆ ಏರಿಸಿದ ಮೇಲೆ ಉಳಿಯಿತು. Inkscape‌ನಲ್ಲಿ Path > Trace Bitmap ಮಾಡಿ SVG ಕೊಟ್ಟೆ. ಸ್ಟ್ಯಾಂಪ್ ಮಾಡುವವರು ಏನೂ ತಕರಾರಿಲ್ಲದೆ ತೆಗೆದುಕೊಂಡರು.

ಈಗ ಆ ದತ್ತು ಕೊಡುವ ಪರಿಚಯದವರಿಂದಲೇ ಇನ್ನೊಂದು ಮೆಸೇಜ್: “ಅದೇ ನಾಯಿ ಟೋಪಿ ಮೇಲೂ ಬೇಕು.” ಈ ಸಲ ಮೊದಲು ಕೇಳಿದೆ. ಅಚ್ಚಲ್ಲ, ಕಸೂತಿಯಂತೆ. ಇದೇ ಫೈಲ್ ನಡೆಯುತ್ತಾ?

ಹಳೇ ಕುಂಚ:

ಹೊರ ಆಕಾರ ನಡೆಯಬಹುದು, ಒಳಗಿನ ಬಿಳಿ ಗೆರೆಗಳು ಅನುಮಾನ. ಅಕ್ಕಪಕ್ಕದ ಹೊಲಿಗೆ ಬಟ್ಟೆಯನ್ನು ಎಳೆದು ಸಂದು ಮುಚ್ಚಿಬಿಡುತ್ತೆ. ಎಷ್ಟು ಅಗಲ ಬಿಡಬೇಕು ಅಂತ ಆ ಮಷೀನ್ ನಡೆಸೋರನ್ನೇ ಕೇಳಿ, ಬಟ್ಟೆಯಿಂದ ಬಟ್ಟೆಗೆ ಬೇರೆ ಆಗುತ್ತೆ.