ಎಲ್ಲಾ ಮುಗೀತು ಅನ್ನೋ ಅಧ್ಯಾಯ ನೀವು ಹೆಂಗ ಬರದ್ರಿ? ಅನುಭವ ಹೇಳ್ರಿ

ಹಳೇ ಹುಬ್ಬಳ್ಳಿ ಹುಡುಗಿ:
ಮೊದಲನೇ ಕಾದಂಬರಿ ಬರಿಯಾಕತ್ತೀನಿ. ನಾಯಕಿ ಶಾಂತವ್ವ ಬಸ್ ಸ್ಟ್ಯಾಂಡ್ ಹತ್ರ ರೊಟ್ಟಿ ಖಾನಾವಳಿ ನಡಸ್ತಾಳ. 22ನೇ ಅಧ್ಯಾಯದಾಗ ಖಾನಾವಳಿಗೆ ಬೆಂಕಿ ಬೀಳ್ತೈತಿ, ಮಗ ಮನಿ ಬಿಟ್ಟು ಹೋಗ್ತಾನ, ಸಾಲ ಕೊಟ್ಟವರು ಬಾಗಲಿಗೆ ಬರ್ತಾರ. 23ರಾಗ ಆಕಿ ಮತ್ತ ಗಟ್ಟಿಯಾಗಿ ಎದ್ದು ನಿಲ್ತಾಳ. ಓದಿದ ಗೆಳತ್ಯಾರು "ಇಷ್ಟು ಲಗೂನ ಹೆಂಗ ಎದ್ಲು?" ಅಂತ ಕೇಳ್ತಾರ. ಇಂಥಾದ್ದು ಬರದವರು ಏನ್ ಮಾಡಿದ್ರಿ?

ಗದಗಿನ ನಾಟಕದವ:
ತಂಗೀ, ಪೆಟ್ಟು ಸಾಲವಲ್ದು, ಅಷ್ಟ. ನಾ ಜಾತ್ರಿಗೆ ಆಡೋ ಕಂಪನಿಗೆ ನಾಟಕ ಬರದುಕೊಟ್ಟವ. ನನ್ನ ನಾಟಕದಾಗ ಮೊದಲು ನಾಯಕನ ಹೊಲ ಅಷ್ಟ ಹೋಗ್ತಿತ್ತು. ಮಂದಿ ಕುರ್ಚಿ ಬಿಟ್ಟು ಚಹಾ ಕುಡಿಯಾಕ ಏಳ್ತಿದ್ರು. ಆಮ್ಯಾಲೆ ಎತ್ತು ಸಾಯಿಸಿದೆ, ತಂಗಿ ಲಗ್ನ ಮುರದೆ, ತಾಯಿನ್ನ ಸಾಯಿಸಿದೆ. ತಾಯಿ ಹೆಣದ ಮುಂದ ನಾಯಕ ಹಾಡು ಹೇಳ್ತಾನ, ಪೇಟಿ ಒಂದ ಬಾರಸ್ತೈತಿ, ತಬಲಾ ನಿಲ್ಲಸ್ತೀವಿ. ಹೆಣ್ಮಕ್ಕಳು ಸೆರಗಿನಾಗ ಮಾರಿ ಮುಚ್ಚಿ ಅತ್ತಾರ. ಆಮ್ಯಾಲೆ ಸೋದರಮಾವ ಬಂದು ಹೊಲದ ಕಾಗದಪತ್ರ ಕೈಯಾಗಿಡ್ತಾನ, ಟೆಂಟಿನ ತುಂಬ ಚಪ್ಪಾಳಿ. ಅದಕ್ಕ ಖರ್ಚೂ ಬಂತು. ತಾಯಿ ಪಾತ್ರಕ್ಕ ಹೊರಗಿನ ಕಲಾವಿದೆ ಬೇಕಾತು, ಒಂದ ರಾತ್ರಿಗೆ ₹2,500, ಮ್ಯಾಲೆ ಹೋಗಿಬರೋ ಗಾಡಿ, ಊಟ, ಸೀರಿ ಬ್ಯಾರೆ. ಮಾಲಕರು ಆ ದುಡ್ಡು ನನ್ನ ಸಂಭಾವನೆಯಾಗ ಮುರಕೊಂಡ್ರು, ಇನ್ನೂ ಕೊಟ್ಟಿಲ್ಲ. ಆದ್ರೂ ಆ ಸೀನ್ ನಾ ತಗಿಯಾಕ ಬಿಡಲಿಲ್ಲ.

ಧಾರವಾಡದ ಅಕ್ಕ:
ಮಂದಿ ಅತ್ತದ್ದು ಖರೆ ಇರಬೇಕು. ಆದ್ರ ಅಳೋದು ಬ್ಯಾರೆ, ನಂಬೋದು ಬ್ಯಾರೆ. ಈ ಹುಡುಗಿಗೆ ಗೆಳತ್ಯಾರು ಹೇಳ್ಯಾರಲಾ, "ಹೆಂಗ ಎದ್ಲು" ಅಂತ, ಅದು ಪೆಟ್ಟು ಕಡಿಮಿ ಆತು ಅನ್ನೋ ದೂರು ಅಲ್ಲ.

ನನ್ನ ಕಾದಂಬರಿ ಬ್ಯಾಡಗಿ ಕಡೆಯದ. ನೀಲವ್ವ, ಗಂಡ ಇಲ್ಲದಾಕಿ, ಎರಡು ಎಕರೆ ಮೆಣಸಿನಕಾಯಿ. ಯಾರ ಹಂಗೂ ಬ್ಯಾಡ ಅನ್ನೋದು ಆಕಿ ಹಟ. ಮೊದಲ ಕರಡಿನಾಗ ಒಣಹಾಕಿದ ಕಾಯಿ ಮ್ಯಾಲೆ ಅಕಾಲದ ಮಳಿ ಸುರೀತು, ಬೆಳಿ ಹೋತು, ಆಕಿ ಕುಸದ್ಲು, ಆಮ್ಯಾಲೆ ಎದ್ಲು. ಓದಿದ ಹಿರಿಯರೊಬ್ರು ಒಂದ ಮಾತು ಕೇಳಿದ್ರು: "ಮಳಿ ಬಂದದ್ದಕ್ಕ ನೀಲವ್ವ ಏನ್ ಕಲೀಬೇಕು?" ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ, ಯಾಕಂದ್ರ ಮಳಿಗೂ ಆಕಿ ಹಟಕ್ಕೂ ಸಂಬಂಧನ ಇರಲಿಲ್ಲ.

ತಿದ್ದಿ ಬರದಾಗ ಮಳಿ ಇಟ್ಟೆ, ಆದ್ರ ಅದನ್ನ ಸಣ್ಣದು ಮಾಡಿದೆ. ಮಳಿಗಿಂತ ಮೊದಲ ಬಾಜೂ ಮನಿ ಹನಮವ್ವ "ನಮ್ಮ ಕಣದಾಗ ಹಾಕವಾ, ತಾಡಪತ್ರಿ ಐತಿ" ಅಂತಾಳ. ನೀಲವ್ವ ಮಂದಿ ಮುಂದ ಆಕಿನ್ನ ಹೀಯಾಳಿಸಿ ಕಳಸ್ತಾಳ. ಮಳಿಯಾಗ ಅರ್ಧ ಕಾಯಿ ಉಳೀತೈತಿ. ಸಾಲದ ಕಂತು ಮುಟ್ಟಸಬೇಕಂತ ಆ ಉಳಿದ ಒಣಗಿದ ಕಾಯಿಗೆ ತೂಕಕ್ಕಂತ ರಾತ್ರಿ ನೀರು ಚಿಮಕಿಸಿ ಚೀಲ ಹೊಲೀತಾಳ. ಮಾರ್ಕೆಟ್ಟಿಗೆ ಒಯ್ಯೂದು ತಡ ಆಗ್ತದ. ವ್ಯಾಪಾರಿ ಚೀಲದಾಗ ಕೈ ತುರುಕಿ, ನಡುವಿನಿಂದ ಒಂದು ಹಿಡಿ ತಗದು, ಒಂದು ಕಾಯಿ ಸೀಳಿ ಬೆಳಕಿಗೆ ಹಿಡೀತಾನ. ಮ್ಯಾಲೆ ಕೆಂಪಗ, ಸುಕ್ಕುಸುಕ್ಕಾಗಿ ಚಂದ ಕಾಣ್ತದ, ಒಳಗ ಬೀಜದ ಸುತ್ತ ಬೂದಿ ಬಣ್ಣದ ಬೂಸ್ಟು. ಏನೂ ಅನ್ನೂದಿಲ್ಲ ಅವ. ಆ ಕಾಯಿನ್ನ ಚೀಲದ ಮ್ಯಾಲೆ ಇಟ್ಟು ಮುಂದಿನ ರಾಶಿಗೆ ಹೋಗ್ತಾನ. ಅವತ್ತಿಂದ ಆಕಿ ಮಾಲಿಗೆ ಯಾರೂ ದರ ಬರಿಯೂದಿಲ್ಲ.

ಈಗ ನೋಡ್ರಿ, ಸಾವಿಲ್ಲ, ಬೆಂಕಿ ಇಲ್ಲ. ಆದ್ರ ಹೋದದ್ದೆಲ್ಲಾ ಆಕಿ ಕೈಯಿಂದನ ಹೋತು, ಅದೂ ಯಾವ ಹಟದಿಂದ ಇಲ್ಲೀತನಕ ಬದುಕಿದ್ಲೋ ಅದ ಹಟದಿಂದ. ಹಂಗಿದ್ದಾಗ ಏಳೋದಂದ್ರ ದುಡ್ಡು ವಾಪಸ್ ಬರೋದಲ್ಲ, ಆ ಹಟ ಬಿಡೋದು.

ಗದಗಿನ ನಾಟಕದವ:
ಅಕ್ಕಾರ, ಓದೋ ಮಂದಿಗೆ ಇದೆಲ್ಲಾ ನಡೀತೈತಿ. ಟೆಂಟಿನ ಕಡೀ ಸಾಲಿನಾಗ ಕುಂತವಗ ಬೂಸ್ಟು ಕಾಣಸ್ತೈತೇನು? ಮತ್ತ ಸೋದರಮಾವ ಬಂದದ್ದು ತಪ್ಪಂದ್ರ ಹರಿಶ್ಚಂದ್ರನ ಕಥಿಯಾಗ ಶಿವ ಬಂದದ್ದೂ ತಪ್ಪೇನು? ಸುಡಗಾಡಿನಾಗ ಮಗನ ಹೆಣ, ಹೆಂಡತಿ ಕುತ್ತಿಗಿ ಮ್ಯಾಲೆ ಕತ್ತಿ, ಅಷ್ಟರಾಗ ಶಿವ ಪ್ರತ್ಯಕ್ಷ. ರಾಘವಾಂಕ ಬರದು ಎಷ್ಟ ನೂರು ವರ್ಷ ಆತು, ಯಾರರ "ಇಷ್ಟ ಸಲೀಸಾ" ಅಂದ್ರೇನು?

ಧಾರವಾಡದ ಅಕ್ಕ:
ಅಂದಿಲ್ಲ, ಯಾಕಂದ್ರ ಶಿವ ಕತ್ತಿ ಎತ್ತಿದ ಮ್ಯಾಲೆ ಬಂದ. ವಿಶ್ವಾಮಿತ್ರ ಕಳಿಸಿದ ಹೆಣ್ಣುಮಕ್ಕಳನ್ನ ಲಗ್ನ ಆಗಿದ್ರ ರಾಜ್ಯನ ಹೋಗ್ತಿರಲಿಲ್ಲ. ಪಾರಾಗೋ ಬಾಗಲಾ ಮೊದಲಿಂದ ತೆರದ ಇತ್ತು, ಅವನ ಒಲ್ಲೆ ಅಂದ. ಸುಡಗಾಡಿನಾಗ ಇನ್ನ ಯಾವ ಲಾಭಾನೂ ಉಳೀಲಾರದಾಗ ಅವ ಮತ್ತೊಮ್ಮೆ ಅದ ಸತ್ಯಾನ್ನ ಆರಿಸಿಕೊಂಡ, ಕತ್ತಿ ಎತ್ತಿದ. ಕಥಿ ಅಲ್ಲಿಗೆ ತೀರ್ಮಾನ ಆತು, ಶಿವ ಅದನ್ನ ಸಾರಾಕ ಬಂದ. ನಿಮ್ಮ ನಾಯಕ ಹಾಡು ಹೇಳಿದ್ದು ಬಿಟ್ರ ಏನು ಆರಿಸಿಕೊಂಡ? ಸೋದರಮಾವ ಅವ ಏನೂ ಮಾಡೂದರೊಳಗ ಬಂದಾನ.

ಗದಗಿನ ನಾಟಕದವ:
ನನ್ನ ನಾಟಕ ನೋಡಲಾರದ ಮಾತಾಡಬ್ಯಾಡ್ರಿ. ಹಾಡಿನ ಕಡೀ ನುಡಿಯಾಗ ಅವ ಕುಡಿಯೋದು ಬಿಡ್ತೀನಂತ ಆಣಿ ಮಾಡ್ತಾನ.

ಧಾರವಾಡದ ಅಕ್ಕ:
ಹಂಗಿದ್ರ ಅದನ್ನ ಮೊದಲ ಹೇಳಬೇಕಿತ್ತು. ಆ ಆಣಿನ ನಾಟಕದ ಜೀವ. ಆದ್ರ ಆಣಿ ಮಾಡಿದ್ರ ಸಾಲದು, ಮಾವ ಬರೂದಕ್ಕಿಂತ ಮೊದಲ ಒಂದು ಸರ್ತಿ ಬಾಟ್ಲಿ ಕೈಗೆ ಸಿಕ್ಕು ಅವ ಇಟ್ಟುಬಿಡಬೇಕು. ಆವಾಗ ನಿಮ್ಮ ಚಪ್ಪಾಳಿ ಅವಗ ಬೀಳ್ತೈತಿ, ಮಾವಗಲ್ಲ.

ಬೆಟಗೇರಿ:
ಕತ್ತಲ ಅಧ್ಯಾಯ ಉದ್ದ ಇರಬೇಕು, ಅದನ್ನ ಯಾರೂ ಹೇಳವಲ್ರಿ. ನನ್ನ ನಾಯಕ ನೇಕಾರ. ಮಗ್ಗ ಮಾರಿ ಬಂದ ರಾತ್ರಿ, ಮಗ್ಗ ಇದ್ದ ಕುಣಿಯಾಗ ಕಾಲು ಇಳಿಬಿಟ್ಟು ಕುಂತಾನ. ಆ ರಾತ್ರಿ ಒಂದಕ್ಕ 9 ಪುಟ ಬರದೆ. ಪುಸ್ತಕ ಪುಟವಿನ್ಯಾಸ ಆದ ಮ್ಯಾಲೆ ಸೇರಿಸಿದ್ದು. 16 ಪುಟಕ್ಕೊಂದು ಫಾರ್ಮ್, ನಂದು ಸರಿಯಾಗಿ ಫಾರ್ಮ್ ತುಂಬಿತ್ತು. 9 ಪುಟಕ್ಕ ಪೂರಾ ಹೊಸ ಫಾರ್ಮ್ ಬಿತ್ತು, 7 ಪುಟ ಖಾಲಿ. ಪ್ಲೇಟು, ಕಾಗದ, ಅಚ್ಚಿನ ಕೂಲಿ ಸೇರಿ 500 ಪ್ರತಿಗೆ ₹4,200. ಮುಂದಿನ ಪುಟದ ನಂಬರೆಲ್ಲಾ ಬದಲು, ಪ್ರೂಫ್ ಮತ್ತೊಮ್ಮೆ, ಅದಕ್ಕ ₹1,800. ಬೆನ್ನು ದಪ್ಪ ಆತು ಅಂತ ಮುಖಪುಟದ ಅಳತಿನೂ ತಿದ್ದಿಸಿದ್ರು. ಅದಕ್ಕಿಂತ ಮೊದಲ ಒಂದು ಪತ್ರಿಕೆಯವರು ಧಾರಾವಾಹಿ ಮಾಡ್ತೀವಿ ಅಂತ ತಗೊಂಡು, ಸರಿಯಾಗಿ ಆ ಅಧ್ಯಾಯನ ಅರ್ಧ ಕತ್ತರಿಸಿ ಹಾಕಿದ್ರು, ಒಂದು ಮಾತು ಕೇಳಲಿಲ್ಲ. ಅದಕ್ಕ ಪುಸ್ತಕದಾಗ ಒಂದು ಸಾಲೂ ಬಿಡಬಾರದಂತ ಹಟ ಹಿಡದೆ.

ಮತ್ತ ನನ್ನವ ಏಳೂದಿಲ್ಲ. ಖರೆ ಜೀವನದಾಗ ಯಾರು ಏಳ್ತಾರ? ಏಳಸೋದನ ಸುಳ್ಳು.

ರಾಣೆಬೆನ್ನೂರು ಓದುಗ:
ನಾನು ಬರೆಯುವವನಲ್ಲ, ಗ್ರಂಥಾಲಯದಲ್ಲಿ ಸಿಕ್ಕಿದ್ದೆಲ್ಲ ಓದುವವನು. ಬೆಟಗೇರಿಯವರೇ, ಆ 9 ಪುಟದಲ್ಲಿ ನಿಮ್ಮ ನೇಕಾರ ಏನು ಮಾಡುತ್ತಾನೆ? ನೆನೆಯುತ್ತಾ ಕೂತಿದ್ದರೆ ನನ್ನಂಥವನು ಮೂರನೇ ಪುಟಕ್ಕೆ ಹಾಳೆ ತಿರುವುತ್ತಾನೆ. ದುಃಖ ಓದುಗನಿಗೆ ಒಂದು ಪುಟದಲ್ಲೇ ತಿಳಿದಿರುತ್ತದೆ. ಉಳಿದ ಪುಟದಲ್ಲಿ ಅವನ ವಿಚಾರ ಎಲ್ಲಿಗೆ ಹೊರಳುತ್ತದೆ ಎಂದು ನಾವು ಕಾಯುತ್ತಿರುತ್ತೇವೆ. ಅದಕ್ಕಿಂತ ಸಿಟ್ಟು ಬರುವುದು "ಆರು ತಿಂಗಳ ಮೇಲೆ" ಎಂದು ಹೊಸ ಅಧ್ಯಾಯ ಶುರುವಾದಾಗ. ನಾವು ನೋಡಬೇಕಾದದ್ದೆಲ್ಲ ಆ ಆರು ತಿಂಗಳಲ್ಲೇ ನಡೆದುಹೋಗಿರುತ್ತದೆ.

ಬೆಟಗೇರಿ:
ಕುಣಿಯಾಗ ಕುಂತು ಕಾಲಿನಿಂದ ಇಲ್ಲದ ಪಾವಟಿಗಿ ತುಳೀತಾನ. ಒಂದು ಕಾಲು, ಇನ್ನೊಂದು ಕಾಲು, ಅದ ಲಯ. ಅದು ನಿಮಗ ಕೆಲಸ ಅನಸವಲ್ದಂದ್ರ ನಾ ಏನ್ ಹೇಳ್ಲಿ. ನಮ್ಮ ಅಪ್ಪ ಹಂಗ ತುಳದದ್ದನ್ನ ನಾ ಕಣ್ಣಾರೆ ನೋಡೀನಿ.

ಧಾರವಾಡದ ಅಕ್ಕ:
ಬೆಟಗೇರಿಯವರ, ಆ ಪಾವಟಿಗಿ ತುಳಿಯೋದು ಬಾಳ ದೊಡ್ಡ ಮಾತು, ಅದನ್ನ ಯಾರ ಮಾತು ಕೇಳಿನೂ ತಗೀಬ್ಯಾಡ್ರಿ. ಏಳಲಾರದ ನಾಯಕನ ಕಥಿ ಬರಿಯೋ ಹಕ್ಕು ನಿಮಗ ಪೂರಾ ಐತಿ. ಆದ್ರ ಈ ಹುಡುಗಿ ಏಳಸಬೇಕಂತಾಳ. ಹಂಗ ಏಳಸಬೇಕಾದ್ರ ಏಳೋ ಆಧಾರ ಮೊದಲ ನೆಲದಾಗ ಬಿತ್ತಿರಬೇಕು.

ನೀಲವ್ವ ಹುಡುಗಿ ಇದ್ದಾಗ ತಾಯಿ ಜೋಡಿ ಮಾರ್ಕೆಟ್ಟಿನಾಗ ಕೂಲಿಗೆ ತೊಟ್ಟು ಮುರಿಯಾಕ, ಕಾಯಿ ಆರಿಸಾಕ ಹೋಗ್ತಿದ್ಲು. 2ನೇ ಅಧ್ಯಾಯದಾಗ ಅದನ್ನ ಆಕಿ ನಾಚಿಕಿಯಿಂದ ಮುಚ್ಚಿಡ್ತಾಳ, ಓದೋರು ಮರತುಬಿಡ್ತಾರ. ಕತ್ತಲ ಅಧ್ಯಾಯದಾಗ ಆಕಿ ಆ ಕೆಟ್ಟ ಚೀಲ ಪಡಸಾಲ್ಯಾಗ ಸುರುವಿ ಆರಿಸಾಕ ಕೂಡ್ತಾಳ. ಅಳೂದಿಲ್ಲ. ಒಳ್ಳೇದು ಎಡಕ್ಕ, ಕೆಟ್ಟದ್ದು ಬಲಕ್ಕ. ಕೈ ಉರೀತಾವು, ಮರತು ಕಣ್ಣು ಒರಿಸಿಕೊಂತಾಳ, ಕಣ್ಣೂ ಉರೀತಾವು. ಬಲಗಡೆ ರಾಶಿ ಬೆಳದಂಗ ಮಳಿ ಮ್ಯಾಲೆ, ವ್ಯಾಪಾರಿ ಮ್ಯಾಲೆ ಹಾಕಿದ್ದ ಸಿಟ್ಟು ತನ್ನ ಕಡೆ ತಿರಗ್ತೈತಿ. ಬೆಳಗಾಗೋದರಾಗ ಹನಮವ್ವನ ಮನಿಗೆ ಹೋಗಬೇಕು ಅನ್ನೋದು ಗೊತ್ತಾಗಿರ್ತೈತಿ, ಆದ್ರೂ ಆಕಿ ಹೋಗೂದಿಲ್ಲ. ಮರುದಿನಾನೂ ಹೋಗೂದಿಲ್ಲ. ಈ ತಡ ಬಾಳ ಬೇಕು. ಗೊತ್ತಾದ ಕೂಡಲೆ ಮಾಡಿಬಿಟ್ರ ಹಟ ಅಷ್ಟ ಹಗುರ ಇತ್ತಂತಾಗ್ತೈತಿ.

ಹೋದಾಗ ಹನಮವ್ವ ಅಪ್ಪಿಕೊಳ್ಳೂದಿಲ್ಲ. "ಕೂಲಿಗೆ ಬರ್ತೀ ಏನು?" ಅಂತಾಳ. ತಾ ಮಾಲು ತಂದ ಅದ ಮಾರ್ಕೆಟ್ಟಿನಾಗ ನೀಲವ್ವ ಕೂಲಿಯಾಕಿಯಾಗಿ ಕೂಡ್ತಾಳ. ಹೆಸರು ಮುಂದಿನ ಹಂಗಾಮಿಗೆ ಸ್ವಲ್ಪ ತಿರಗಿ ಬರ್ತೈತಿ. ಒತ್ತಿ ಇಟ್ಟ ಒಂದು ಎಕರೆ ಕಡೀ ಪುಟದ ತನಕ ಬಿಡಿಸಿಕೊಳ್ಳೂದು ಆಗೂದಿಲ್ಲ. ಪ್ರಕಾಶಕರು "ಹೊಲಾ ವಾಪಸ್ ಕೊಡ್ರಿ ಮೇಡಂ, ಮಂದಿಗೆ ಸಮಾಧಾನ ಆಗ್ತದ" ಅಂದ್ರು. ಕೊಡಲಿಲ್ಲ, ಪುಸ್ತಕ ಒಂದು ವರ್ಷ ಅವರ ಕಪಾಟಿನಾಗ ಕುಂತಿತು.

ಗದಗಿನ ನಾಟಕದವ:
ಹೊಲಾ ಕೊಟ್ಟಿದ್ರ ಏನ್ ಹೋಗ್ತಿತ್ತು? ಬಡವರ ಕಥಿ ಬರಿಯೋರು ಬಡವರಿಗೆ ಒಂದು ಎಕರೆನೂ ಬಿಟ್ಟುಕೊಡೂದಿಲ್ಲ.

ಧಾರವಾಡದ ಅಕ್ಕ:
ಅದನ್ನ ಬಿಟ್ಟುಕೊಟ್ಟಿದ್ರ ಆಕಿ ಚಿಮಕಿಸಿದ ನೀರಿಗೆ ಬೆಲೀನ ಇರ್ತಿರಲಿಲ್ಲ.

ಬೆಟಗೇರಿ:
ನಾಟಕದವರು ಹೇಳೋದರಾಗ ಖರೆ ಐತಿ. ಧಾರವಾಡದಾಗ ಕುಂತವರಿಗೆ ಬಡವರು ಸೋತ್ರನ ಸಾಹಿತ್ಯ.

ಧಾರವಾಡದ ಅಕ್ಕ:
ನಿಮ್ಮ ನಾಯಕ ಏಳೂದ ಇಲ್ಲ ಅಂದವರು ನೀವು! ಮತ್ತ ನಾ ಹುಟ್ಟಿದ್ದು ಬ್ಯಾಡಗಿ ಹತ್ರದ ಮೋಟೆಬೆನ್ನೂರಾಗ, ಮೆಣಸಿನಕಾಯಿ ಉರಿ ಪುಸ್ತಕ ಓದಿ ಕಲತಿಲ್ಲ.

ಹಳೇ ಹುಬ್ಬಳ್ಳಿ ಹುಡುಗಿ:
ಜಗಳಾಡಬ್ಯಾಡ್ರಿ. ನನ್ನ ಬೆಂಕಿ ತಾನ ಹತ್ತಿದ್ದು, ಸಿಲಿಂಡರ್ ಸೋರಿ. ಅದನ್ನ ತಗದು ಬಿಡ್ಲೇನು? ಮಗ ಮನಿ ಬಿಡೋದು ಮಾತ್ರ ಶಾಂತವ್ವನ ಬಾಯಿಂದ ಆಗ್ತೈತಿ. ಅವ ಕಾಲೇಜು ಬಿಟ್ಟು ಖಾನಾವಳಿ ನೋಡ್ಕೊಂತೀನಿ ಅಂದಾಗ "ನಿನ್ನ ಕೈ ರುಚಿ ಯಾರಿಗೆ ಬೇಕು" ಅಂತಾಳ.

ರಾಣೆಬೆನ್ನೂರು ಓದುಗ:
ಆ ಒಂದು ಮಾತು ಬೆಂಕಿಗಿಂತ ಹೆಚ್ಚು ಸುಡುತ್ತದೆ. ಓದುಗನಾಗಿ ನನಗೆ ಬೆಂಕಿ ಬೇಡ.

ಗದಗಿನ ನಾಟಕದವ:
ಬೆಂಕಿ ಇರಲಿ. ಬೆಂಕಿ ಇಲ್ಲಂದ್ರ ಖಾನಾವಳಿ ಹೆಂಗ ಹೋಗ್ತೈತಿ?

ಧಾರವಾಡದ ಅಕ್ಕ:
ಬೆಂಕಿ ಇಡಬೇಕಂದ್ರ ಇಡವಾ, ಆದ್ರ ಸೋರೋದನ್ನ ಮಗ ಮೊದಲ ನೋಡಿರಲಿ, ರೆಗ್ಯುಲೇಟರ್ ಬದಲಸು ಅಂತ ಹೇಳಿರಲಿ, ಆಕಿ "ನಿನ್ನ ಕೈ ರುಚಿ" ಅಂದದ್ದು ಆ ಮಾತಿಗೆ ಉತ್ತರವಾಗಿ ಬರಲಿ. ಆವಾಗ ಎರಡೂ ಒಂದ ತಪ್ಪಿನಿಂದ ಹುಟ್ಟತಾವು. ಆಮ್ಯಾಲೆ ಒಂದು ಪರೀಕ್ಷೆ ಮಾಡು: 22ನೇ ಅಧ್ಯಾಯ ಮುಚ್ಚಿಟ್ಟು 21ರಿಂದ ನೆಟ್ಟಗ 23 ಓದು. ಶಾಂತವ್ವ 23ರಾಗ ಮಾಡೋದನ್ನ 21ರಾಗನ ಮಾಡಬಹುದಿತ್ತು ಅನಿಸಿದ್ರ, 22 ಆಕಿನ್ನ ಬದಲಸಿಲ್ಲ ಅಂತ ಲೆಕ್ಕ.

ಹಳೇ ಹುಬ್ಬಳ್ಳಿ ಹುಡುಗಿ:
ಈಗ ಓದಿ ನೋಡಿದೆ ಅಕ್ಕಾರ. 23ರಾಗ ಆಕಿ ಹೊಸಾ ಜಾಗಾ ಹುಡಕ್ತಾಳ, ಸಾಲ ತರ್ತಾಳ. ಇದನ್ನ 3ನೇ ಅಧ್ಯಾಯದಾಗೂ ಮಾಡ್ಯಾಳ. ಮಗನ್ನ ಕರಿಯಾಕ ಹೋಗೂದ 23ರಾಗ ಎಲ್ಲೂ ಇಲ್ಲ.

ಬೆಟಗೇರಿ:
ಹೋಗಸವಾ. ಆದ್ರ ಅವ ಬರ್ತೀನಿ ಅನ್ನಬಾರದು.

ಗದಗಿನ ನಾಟಕದವ:
ಅನ್ನಬೇಕು! ತಾಯಿ ಬಾಗಲಾಗ ನಿಂತ ಮ್ಯಾಲೆ ಬರೂದಿಲ್ಲ ಅನ್ನೋ ಮಗನ್ನ ನಾ ನಮ್ಮ ಸೀಮ್ಯಾಗ ನೋಡಿಲ್ಲ.