ಸೀರೆ ಅಂಗಡಿಗೆ 20 ಸೆಕೆಂಡಿನ ಅನಿಮೇಷನ್ ಜಾಹೀರಾತು: ಪತ್ರದಲ್ಲಿ ಏನು ಬರೆದಿರಿ, ಎಲ್ಲಿ ಕೈ ಸುಟ್ಟಿತು?

ಚೌಕಿಪೇಟೆ ಹುಡುಗ:
ದಾವಣಗೆರೆಯ ಒಂದು ಸೀರೆ ಅಂಗಡಿಗೆ ಆಷಾಢ ಸೇಲಿಗೆ 20 ಸೆಕೆಂಡಿನ ಅನಿಮೇಷನ್ ಮಾಡಿಕೊಡ್ತೀನಿ ಅಂದಿದ್ದೆ. ಮಾಲೀಕರು ಒಪ್ಪಿ, "ಎಲ್ಲಾ ಒಂದು ಪತ್ರದಲ್ಲಿ ಬರ್ಕೊಡಪ್ಪ" ಅಂದ್ರು. ಅಂಗಡಿ ಮುಂದಿನ ಟಿವಿಗೂ ಸ್ಟೇಟಸ್ಸಿಗೂ ಬೇಕಂತೆ. ಕೆಲಸ ಎಷ್ಟು, ದಿನ ಎಷ್ಟು, ಹಣ ಎಷ್ಟು ಅನ್ನೋದನ್ನ ಹೇಗೆ ಬರೆಯೋದು? ಬರೆದು ಅನುಭವ ಇರೋರು ಹೇಳಿ.

ಮೋಷನ್ ಮೈಸೂರು:
"20 ಸೆಕೆಂಡು, ಫುಲ್ ಎಚ್‌ಡಿ, ಎರಡು ಸಲ ತಿದ್ದುಪಡಿ" ಅಂತ ಬರೆದು ಕೂತರೆ ಮುಗೀತು ಕಥೆ. ಜಗಳ ಹುಟ್ಟೋದು ಸೇಲ್ ಮುಗಿದ ಮೇಲೆ. ಆಷಾಢ ಹೋದ ಮಾರನೇ ದಿನವೇ "ಅದೇ ಜಾಹೀರಾತು, ವರಮಹಾಲಕ್ಷ್ಮಿಗೆ ಸ್ವಲ್ಪ ಬದಲಾಯಿಸಿ ಕೊಡಿ" ಅಂತ ಫೋನ್ ಬರುತ್ತೆ. ಆಮೇಲೆ ಗೌರಿ ಗಣೇಶ, ದಸರಾ, ದೀಪಾವಳಿ. ಆ "ಸ್ವಲ್ಪ" ಎಷ್ಟು ಅಂತ ಪತ್ರದಲ್ಲಿ ಇಲ್ಲದಿದ್ದರೆ ವರ್ಷವಿಡೀ ಬಿಟ್ಟಿ ದುಡಿಮೆ.

ಹಾಗಾಗಿ ಜಾಹೀರಾತನ್ನು ಎರಡು ತುಂಡು ಮಾಡಿ. ಮೊದಲ 15 ಸೆಕೆಂಡು ಕಥೆ: ಅದರಲ್ಲಿ ಹಬ್ಬದ ಹೆಸರು, ಶೇಕಡಾವಾರು, ತಾರೀಖು ಯಾವುದೂ ಇರಬಾರದು, ಧ್ವನಿಯಲ್ಲೂ ಇರಬಾರದು. ಕೊನೆಯ 5 ಸೆಕೆಂಡು ಆಫರ್ ಕಾರ್ಡು. ಚಿತ್ರ ಕತ್ತರಿಸುವುದು ಸುಲಭ, ಮಾತು ಕತ್ತರಿಸುವುದು ಕಷ್ಟ. "ಈ ಆಷಾಢಕ್ಕೆ ಬನ್ನಿ ನಮ್ಮ ಅಂಗಡಿಗೆ" ಅಂತ ಒಂದೇ ಉಸಿರಿನಲ್ಲಿ ಹೇಳಿಸಿಬಿಟ್ಟರೆ ಮುಂದಿನ ಹಬ್ಬಕ್ಕೆ ಅದೇ ಕಲಾವಿದೆ, ಅದೇ ಮೈಕು, ಅದೇ ದನಿ ಬೇಕು. 15ನೇ ಸೆಕೆಂಡಿಗೆ ಅರ್ಧ ಸೆಕೆಂಡು ಮಾತಿಲ್ಲದ ಜಾಗ ಬಿಡಿ, ಸಂಗೀತದ ತಾಳವೂ ಅಲ್ಲೇ ಬಂದು ನಿಲ್ಲಲಿ.

ನಮ್ಮ ಪತ್ರದ ಸಾಲು ಇದು, ಬೇಕಾದರೆ ಎತ್ತಿಕೊಳ್ಳಿ:

"ಕೊನೆಯ 5 ಸೆಕೆಂಡಿನ ಕಾರ್ಡಿನಲ್ಲಿ ಅಕ್ಷರ, ಬಣ್ಣ ಮತ್ತು ಒಂದು ಸೀರೆಯ ಚಿತ್ರ ಬದಲಿಸಲು ಪ್ರತಿ ಸಲ ₹1,500, ಎರಡು ಕೆಲಸದ ದಿನ. ಹೊಸ ಧ್ವನಿ ಬೇಕಿದ್ದರೆ ಅದರ ಖರ್ಚು ಬೇರೆ. ಮೊದಲ 15 ಸೆಕೆಂಡಿನಲ್ಲಿ ಯಾವ ಬದಲಾವಣೆಯೂ ಇದರಲ್ಲಿ ಸೇರಿಲ್ಲ."

ದಿನದ ಲೆಕ್ಕ, ಎರಡು ಪಾತ್ರದ ಕಟ್‌ಔಟ್ ಅನಿಮೇಷನ್ನಿಗೆ: ಸ್ಕ್ರಿಪ್ಟು 2, ಸ್ಟೋರಿಬೋರ್ಡು ಮತ್ತು ಅದನ್ನೇ ಧ್ವನಿ ಜೊತೆ ಓಡಿಸಿ ನೋಡೋ ಅನಿಮ್ಯಾಟಿಕ್ 3, ಪಾತ್ರ ಮತ್ತು ಅಂಗಡಿಯ ಚಿತ್ರ 2, ಅನಿಮೇಷನ್ 5, ಧ್ವನಿ 1, ಕೊನೇ ಫೈಲು 1. ಒಟ್ಟು 14 ಕೆಲಸದ ದಿನ. ಇದು ನಮ್ಮ ದಿನ ಮಾತ್ರ. ಮಾಲೀಕರ ದಿನ ಬೇರೆಯೇ ಬರೆಯಿರಿ: "ಒಪ್ಪಿಗೆಗೆ ಕಳಿಸಿದ ದಿನದಿಂದ ಉತ್ತರ ಬರುವವರೆಗಿನ ದಿನಗಳು ಲೆಕ್ಕಕ್ಕಿಲ್ಲ." ಸೀಸನ್ನಿನಲ್ಲಿ ಸೀರೆ ಅಂಗಡಿಯವರು ಒಂದು ಸ್ಟೋರಿಬೋರ್ಡು ನೋಡೋಕೆ ವಾರ ತಗೋತಾರೆ, ಆಮೇಲೆ ತಡ ಮಾಡಿದ್ದು ನೀವೇ ಆಗ್ತೀರಿ.

ಹಣ: 14 ದಿನಕ್ಕೆ ₹1,800ರಂತೆ 25,200. ಧ್ವನಿ 3,000, ಸ್ಟುಡಿಯೋ 1,000, ಸಂಗೀತದ ಲೈಸೆನ್ಸು 1,500. ಸ್ಟೇಟಸ್ಸಿಗೆ ಉದ್ದುದ್ದ ಮಾಡೋಕೆ ಒಂದೂವರೆ ದಿನ, 2,700. ಅದು ಬರೀ ಕತ್ತರಿಸೋ ಕೆಲಸ ಅಲ್ಲ. ಅಡ್ಡ ಚೌಕಟ್ಟಿನಲ್ಲಿ ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ ನಿಂತಿದ್ದರೆ ಉದ್ದದ ಚೌಕಟ್ಟಿನಲ್ಲಿ ಇಬ್ಬರಲ್ಲಿ ಒಬ್ಬರೇ ಉಳೀತಾರೆ, ಮತ್ತೆ ಜೋಡಿಸಬೇಕು. ಒಟ್ಟು 33,400. ಮುಂಗಡ 13,400, ಅನಿಮ್ಯಾಟಿಕ್ ಒಪ್ಪಿದಾಗ 10,000, ವಾಟರ್‌ಮಾರ್ಕ್ ಇಲ್ಲದ ಫೈಲಿಗೆ ಮುಂಚೆ 10,000.

ಜವಳಿ ಗದಗ:
ನಾ ಅನಿಮೇಷನ್ ಮಾಡಾವ ಅಲ್ರೀ, ಮಾಡಿಸ್ಕೊಂಡಾವ. 22,000 ಕೊಟ್ಟೀನಿ. ಮೇಲೆ ಹೇಳಿದ್ರಲ್ಲ, ಕಾರ್ಡು ಬದಲಿ ಮಾಡೂದು, ಆ ಮಾತು ನಮ್ಮ ಪತ್ರದಾಗ ಇರಲೇ ಇಲ್ಲ. "ಆಷಾಢ" ತಗದು "ಶ್ರಾವಣ" ಹಾಕಂದ್ರ 6,000 ಕೇಳಿದ್ರು. ಒಂದು ಶಬ್ದಕ್ಕ ಆರು ಸಾವಿರ! ಬ್ಯಾರೆ ಕಡೆ ಮಾಡಿಸ್ತೀನಿ, ಮೂಲ ಫೈಲ್ ಕೊಡ್ರಿ ಅಂದ್ರ, ಅದು ನಮ್ಮದು, ಕೊಡಂಗಿಲ್ಲ ಅಂದ್ರು. ರೊಕ್ಕ ಕೊಟ್ಟಾವ ನಾನು, ಮಾಲು ಅವರದಂತ.

ಇನ್ನೊಂದು. ಪತ್ರ ನಾಲ್ಕು ಪುಟ ಇತ್ತು. ಗಿರಾಕಿ ನಡುವ ಯಾರು ಓದ್ತಾರ? ಯಾವಾಗ ಕೊಡ್ತಿ, ಎಷ್ಟು ತಗೋತಿ, ಆಮ್ಯಾಲೆ ಬದಲಿ ಮಾಡಿದ್ರ ಎಷ್ಟು, ಇಷ್ಟು ಒಂದು ಪುಟದಾಗ ಇರಲಿ.

ಕೀಫ್ರೇಮ್:
@ಜವಳಿ ಗದಗ, ಫೈಲ್ ಕೊಡದೇ ಇದ್ದದ್ದು ಸರಿಯೇ. ಚಿತ್ರ ಬರೆದವರಿಗೇ ಕಾಪಿರೈಟು, ಅದು ಕಾನೂನು. ನೀವು ಕೊಂಡಿದ್ದು ತೋರಿಸೋ ಹಕ್ಕು. ಬೇಕರಿಯಲ್ಲಿ ಕೇಕ್ ತಗೊಂಡು ಅಚ್ಚೂ ಕೊಡಿ ಅಂತೀರಾ?

ಮತ್ತೆ @ಮೋಷನ್ ಮೈಸೂರು, ಸಾಲು ಸಾಲಾಗಿ ದರ ಬರೆಯೋದು ತಪ್ಪು. "ಸ್ಟುಡಿಯೋ ಯಾಕೆ, ನಮ್ಮ ಮಗಳೇ ಮಾತಾಡ್ತಾಳೆ, 4,000 ತೆಗಿ" ಅಂತಾರೆ. ಒಂದೇ ಮೊತ್ತ ಬರೀಬೇಕು. ಮೇಲೆ ಶೇಕಡಾ 18 ಜಿಎಸ್‌ಟಿ ಹಾಕೋದು ಮರೀಬೇಡಿ.

ಮೋಷನ್ ಮೈಸೂರು:
ಕೀಫ್ರೇಮ್ ಅವರೇ, ಎರಡರಲ್ಲೂ ಅರ್ಧ ಸರಿ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ವಸೂಲಿ ಮಾಡೋ ಹಾಗಿಲ್ಲ. ಸೇವೆಗೆ ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ ನೋಂದಣಿ. ಹುಡುಗ ಹೊಸಬ, "ಜಿಎಸ್‌ಟಿ ನೋಂದಣಿ ಇಲ್ಲ, ತೆರಿಗೆ ಸೇರಿಸಿಲ್ಲ" ಅಂತ ಒಂದು ಸಾಲು ಸಾಕು.

ಕಾಪಿರೈಟು ನಿಮ್ಮ ಬೇಕರಿ ಹಾಗಲ್ಲ. 1957ರ ಕಾಯ್ದೆಯ ಸೆಕ್ಷನ್ 17 ಓದಿ. ಹಣ ಕೊಟ್ಟು ಹೇಳಿ ಮಾಡಿಸಿಕೊಂಡ ಸಿನಿಮಾಟೋಗ್ರಾಫ್ ಫಿಲ್ಮಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರೇ ಮೊದಲ ಒಡೆಯರು. ಪತ್ರದಲ್ಲಿ ಏನೂ ಬರೆಯದೆ ಬಿಟ್ಟರೆ ತಯಾರಾದ 20 ಸೆಕೆಂಡು ಗದಗದ ಯಜಮಾನರದ್ದೇ.

ಜವಳಿ ಗದಗ:
ನೋಡ್ರಿ ಮತ್ತ! ಕೇಕ್ ಅಂತ, ಅಚ್ಚು ಅಂತ.

ಕೀಫ್ರೇಮ್:
ಫಿಲ್ಮ್ ಅವರದ್ದಾಗಲಿ. ಪಾತ್ರದ ಚಿತ್ರ? ಅದರ ಕೈಕಾಲು ಆಡಿಸೋ ರಿಗ್ಗು? ಪ್ರಾಜೆಕ್ಟ್ ಫೈಲು? ಅದೂ ಫಿಲ್ಮಾ? ನಾಳೆ ಅದೇ ಅತ್ತೆ ಪಾತ್ರ ತಗೊಂಡು ಇನ್ನೊಬ್ಬ ಹತ್ತು ಜಾಹೀರಾತು ಮಾಡ್ತಾನೆ.

ಮೋಷನ್ ಮೈಸೂರು:
ಅದಕ್ಕೇ ಬರೆದಿಡಿ ಅನ್ನೋದು. ನಾವು ಹೀಗೆ ಬರೀತೀವಿ: ತಯಾರಾದ ಫೈಲು ಪೂರ್ತಿ ಹಣ ಬಂದ ಮೇಲೆ ಅಂಗಡಿಯದು, ಪ್ರಾಜೆಕ್ಟ್ ಫೈಲು ಬೇಕಿದ್ದರೆ ಒಟ್ಟು ಮೊತ್ತದ ಶೇಕಡಾ 30 ಹೆಚ್ಚು. 33,400ಕ್ಕೆ 10,020 ಆಗುತ್ತೆ. ಫಾಂಟು, ಸಂಗೀತದ ಲೈಸೆನ್ಸು ಅದರ ಜೊತೆ ಹೋಗೋದಿಲ್ಲ ಅಂತಲೂ ಸೇರಿಸಿ.

ಕೀಫ್ರೇಮ್:
ಶೇಕಡಾ 30ಕ್ಕೆ ರಿಗ್ ಮಾರೋರು ಮಾರಿಕೊಳ್ಳಿ. ನಾನು 100 ಕೇಳ್ತೀನಿ, ಇಲ್ಲ ಕೊಡೋದೇ ಇಲ್ಲ.

ತುಮಕೂರು ಸ್ಕ್ರೀನ್ಸ್:
ಸರ್ಕಲ್ಲಿನ ಎಲ್‌ಇಡಿ ಬಾಡಿಗೆ ಯಾರೂ ಕೇಳ್ಲೇ ಇಲ್ವಲ್ಲ? ದಿನಕ್ಕೆ ಎಷ್ಟು ಸಲ ಬರುತ್ತೆ ಅನ್ನೋದರ ಮೇಲೆ ದರ. ಥಿಯೇಟರಿಗೂ ಹಾಕಿಸಬಹುದು, ಇಂಟರ್ವಲ್ಲಿಗೆ ಒಳ್ಳೆ ಜನ.

ಧ್ವನಿ ಅಕ್ಕ:
ಅವರು ಬಾಡಿಗೆ ಕೇಳಿಲ್ಲ ತಮ್ಮಾ, ಪತ್ರ ಕೇಳಿದ್ದು. ಆದ್ರೂ ಥಿಯೇಟರ್ ಮಾತು ಬಂದಿದ್ದು ಒಳ್ಳೇದಾಯ್ತು. ಥಿಯೇಟರಿನಲ್ಲಿ ತೋರಿಸೋ ಜಾಹೀರಾತಿಗೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಫೈಲೂ ಥಿಯೇಟರ್ ಪ್ರೊಜೆಕ್ಟರಿನಲ್ಲಿ ಓಡೋ ಡಿಸಿಪಿ ಆಗ್ಬೇಕು. 25 ಫ್ರೇಮಿನಲ್ಲಿ ಮಾಡಿದ್ದನ್ನ 24ಕ್ಕೆ ಇಳಿಸಿದ್ರೆ ಧ್ವನಿಯನ್ನೂ ಹೊಂದಿಸ್ಬೇಕು. "ಥಿಯೇಟರ್ ಮತ್ತು ಕೇಬಲ್ ಟಿವಿಗೆ ಬೇಕಾದ ಫೈಲು, ಅನುಮತಿ ಇದರಲ್ಲಿ ಸೇರಿಲ್ಲ" ಅಂತ ಬರೀರಿ, ಇಲ್ದಿದ್ರೆ ಕೊನೇ ವಾರ ಅದೂ ನಿಮ್ಮ ತಲೆಗೇ.

ಧ್ವನಿ ಬಗ್ಗೆ ಕೀಫ್ರೇಮ್ ಹೇಳಿದ ಮಗಳ ಕಥೆ ನಿಜ. 20 ಸೆಕೆಂಡಿಗೆ ಕನ್ನಡದಲ್ಲಿ 35ರಿಂದ 40 ಪದ ಹಿಡಿಸುತ್ತೆ, ಅಷ್ಟೇ. ಮಾಲೀಕರು ಬರ್ಕೊಡೋದು 70 ಪದ: ಕಾಂಜೀವರಂ, ಇಳಕಲ್, ಮೊಳಕಾಲ್ಮೂರು, ಎಲ್ಲಾ ಶಾಖೆಗಳ ವಿಳಾಸ. ಮನೆಯವರು ಫೋನಿನಲ್ಲಿ ಓದಿ ಕಳಿಸಿದ್ರೆ 20 ಸೆಕೆಂಡು ಮೀರಿ ಹೋಗುತ್ತೆ, ಹಿಂದೆ ಫ್ಯಾನ್ ಸದ್ದು. ಅನಿಮೇಷನ್ ಆದ ಮೇಲೆ ಅದು ಬಂದ್ರೆ ತುಟಿ ಚಲನೆ ಪೂರ್ತಿ ಹೊಸದಾಗಿ ಮಾಡ್ಬೇಕು. ಅದಕ್ಕೆ ಪದಗಳ ಮಿತಿಯನ್ನೂ ಪತ್ರದಲ್ಲೇ ಹಾಕಿ, ಧ್ವನಿ ಅನಿಮೇಷನ್ನಿಗೆ ಮೊದಲೇ ಒಪ್ಪಿಗೆ ಆಗ್ಬೇಕು ಅಂತಲೂ ಹಾಕಿ. ಮೋಷನ್ ಅವರ ಪಟ್ಟಿಯಲ್ಲಿ ಧ್ವನಿ ಅನಿಮೇಷನ್ ಆದ್ಮೇಲೆ ಬಂದಿದೆ, ನಂಗೆ ಒಪ್ಪಿಗೆ ಇಲ್ಲ.

ಮೋಷನ್ ಮೈಸೂರು:
ನಮ್ಮ ಪಾತ್ರಗಳು ಮಾತಾಡಲ್ಲ ಅಕ್ಕ, ಹಿನ್ನೆಲೆ ಧ್ವನಿ ಮಾತ್ರ. ಅನಿಮ್ಯಾಟಿಕ್ಕಿಗೆ ನಾವೇ ಓದಿದ ತಾತ್ಕಾಲಿಕ ಧ್ವನಿ ಇರುತ್ತೆ.

ಧ್ವನಿ ಅಕ್ಕ:
ತಾತ್ಕಾಲಿಕ ಧ್ವನಿಗೇ ಮಾಲೀಕರು ಒಗ್ಗಿಹೋಗ್ತಾರೆ, ಆಮೇಲೆ ಕಲಾವಿದೆ ಯಾಕೆ ಅಂತಾರೆ. ನೋಡಿದ್ದೀನಿ.

ತುಮಕೂರು ಸ್ಕ್ರೀನ್ಸ್:
ಅಂಗಡಿ ಟಿವಿಗೆ ಧ್ವನಿಯೇ ಬೇಡ, ರೋಡಿನ ಗದ್ದಲದಲ್ಲಿ ಯಾರಿಗೂ ಕೇಳಲ್ಲ. ಸದ್ದಿಲ್ಲದೆ ಒಂದು ಸಲ ಹಾಕಿ ನೋಡಿ, ಅರ್ಥ ಆದ್ರೆ ಸರಿ. ಇನ್ನೊಂದು, ಪೆನ್‌ಡ್ರೈವ್ ಹಾಕಿದ್ರೆ ಎಷ್ಟೋ ಟಿವಿಗಳಲ್ಲಿ ಪ್ರತಿ 20 ಸೆಕೆಂಡಿಗೆ ಪರದೆ ಕಪ್ಪಾಗಿ ಫೈಲಿನ ಹೆಸರು ಕಾಣುತ್ತೆ. ಅದನ್ನೇ 30 ಸಲ ಜೋಡಿಸಿ 10 ನಿಮಿಷದ ಒಂದು ಫೈಲ್ ಕೊಡಿ, H.264 ಎಂಪಿ4. ಪತ್ರದಲ್ಲಿ "ಟಿವಿಗೆ ಲೂಪ್ ಫೈಲು ಒಂದು" ಅಂತ ಬರೆದರೆ ನೀವು ಹೆಚ್ಚು ಕೊಟ್ಟ ಹಾಗೂ ಕಾಣುತ್ತೆ, ನಿಮಗೆ ಅರ್ಧ ಗಂಟೆ ಕೆಲಸ.

ಕೀಫ್ರೇಮ್:
ಸ್ಕ್ರೀನ್ ಬಾಡಿಗೆಯವರ ಬಾಯಲ್ಲಿ ಈ ಥ್ರೆಡ್ಡಿನ ಮೊದಲ ಕೆಲಸಕ್ಕೆ ಬರೋ ಮಾತು.

ಅಕ್ಷರದ ಬಗ್ಗೆ ಯಾರೂ ಹೇಳಿಲ್ಲ. ಅಂಗಡಿಯವರು ಮ್ಯಾಟರನ್ನ ಡಿಟಿಪಿಯವರಿಂದ ಹಳೇ ನುಡಿ ಫಾಂಟಿನಲ್ಲಿ ತರ್ತಾರೆ. ಅದನ್ನ ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಕೆಡ್ತವೆ. ಆಫ್ಟರ್ ಎಫೆಕ್ಟ್ಸ್‌ನ ಹಳೇ ಆವೃತ್ತಿಗಳಲ್ಲಿ ಟೈಪ್ ಸೆಟ್ಟಿಂಗು South Asian and Middle Eastern ಇಲ್ಲದಿದ್ದರೆ ಸರಿ ಇದ್ದದ್ದೂ ಒಡೆಯುತ್ತೆ. ಆಫರ್ ಕಾರ್ಡನ್ನ ಚಿತ್ರವಾಗಿ ಕಳಿಸಿ, "ಓದಿದ್ದೇನೆ, ಸರಿ ಇದೆ" ಅಂತ ಬರೆಸಿಕೊಳ್ಳಿ. ಪತ್ರದಲ್ಲಿ: ಒಪ್ಪಿಗೆ ಆದ ಮೇಲೆ ನನ್ನ ತಪ್ಪಾದರೆ ಉಚಿತ, ಕೊಟ್ಟ ಮ್ಯಾಟರಿನ ತಪ್ಪಾದರೆ ₹1,500.

ಜವಳಿ ಗದಗ:
ಫ್ರೀ ಅಂತ ಬರದ್ರಲ್ಲ, ಅದೊಂದು ಚೊಲೊ. ಮುಂಗಡ 13,400 ಮಾತ್ರ ಭಾಳ ಆತು. ಗುರುತಿಲ್ಲದ ಹುಡುಗಗ ನಾ ಐದು ಸಾವಿರದ ಮ್ಯಾಲೆ ಕೊಡಂಗಿಲ್ಲ.

ಮೋಷನ್ ಮೈಸೂರು:
ಐದು ಸಾವಿರಕ್ಕೆ ಸ್ಕ್ರಿಪ್ಟು ಮತ್ತು ಸ್ಟೋರಿಬೋರ್ಡು ಮಾತ್ರ ಅಂತ ಬರೆದು ಕೊಡಿ. ಅಲ್ಲಿಗೇ ನಿಲ್ಲಿಸಿದರೆ ಆ ಕಾಗದ ಅವರದು, ಮುಂದುವರಿದರೆ ಅದು 13,400ರಲ್ಲಿ ವಜಾ.

ಕೀಫ್ರೇಮ್:
ಸ್ಟೋರಿಬೋರ್ಡ್ ಐದು ಸಾವಿರಕ್ಕೆ ಕೊಟ್ಟರೆ ಪಕ್ಕದ ರಸ್ತೆಯವನ ಹತ್ತಿರ ಎಂಟು ಸಾವಿರಕ್ಕೆ ಅನಿಮೇಷನ್ ಮಾಡಿಸ್ತಾರೆ. ಬರೆದಿಟ್ಕೊಳ್ಳಿ.

ಜವಳಿ ಗದಗ:
ಮಾಡಿಸ್ತೀವಿ. ನೀವು ಒಂದು ಶಬ್ದಕ್ಕ ಆರು ಸಾವಿರ ಕೇಳಿದ್ರ?

ಚೌಕಿಪೇಟೆ ಹುಡುಗ:
ಒಂದೇ ಮೊತ್ತ ಬರೆದು, ದರಪಟ್ಟಿ ನನ್ನ ಹತ್ತಿರ ಇಟ್ಕೊಂಡೆ. 15+5 ತುಂಡು, 40 ಪದದ ಮಿತಿ, ಲೂಪ್ ಫೈಲು, ಥಿಯೇಟರ್ ಇಲ್ಲ, ನಾಲ್ಕೂ ಸೇರಿಸಿ ಒಂದು ಪುಟ ಆಯ್ತು. ಪ್ರಾಜೆಕ್ಟ್ ಫೈಲಿನ ಜಾಗ ಮಾತ್ರ ಇನ್ನೂ ಖಾಲಿ ಇದೆ, 30 ಬರೀಲೋ 100 ಬರೀಲೋ ಗೊತ್ತಾಗ್ತಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಕೊಡಬೇಕು.